ಗಾಜಿನ ಮೇಲಿನ ಬೆರಳು

ನಮ್ಮ ಬೀದಿಯ ಕೊನೆಯ ಮನೆಯ ನಕ್ಷೆಗಾರರ ಬಾಯಿಂದ 'ಹೌದು' ಎಂಬ ಮಾತು ಹೊರಟದ್ದನ್ನು ಕೇಳಿದವರಿಲ್ಲ. 'ಅಲ್ಲ' ಎಂದದ್ದನ್ನು ಕೇಳಿದವರೂ ಇಲ್ಲ. ಊಟವಾಯಿತೇ ಎಂದರೆ ಕ್ಷಣಕಾಲ ತಮ್ಮ ಹೊಟ್ಟೆಯ ಕಡೆಗೇ ನೋಡಿಕೊಂಡು, ಸಾಕ್ಷ್ಯವನ್ನು ತೂಗಿದವರಂತೆ "ಆಗಿರಬಹುದು" ಎನ್ನುವರು. ಬೀದಿಯ ಮಕ್ಕಳು ಅವರಿಗೆ 'ಇರಬಹುದು ಮಾವ' ಎಂದೇ ಹೆಸರಿಟ್ಟಿದ್ದರು. ಅವರ ಹೆಂಡತಿ ಮಾತ್ರ ಈ ಸ್ವಭಾವವನ್ನು ಸಭೆಯಲ್ಲಿ ಎತ್ತಿ ಆಡುವ ಅವಕಾಶವನ್ನು ಎಂದೂ ಬಿಟ್ಟವರಲ್ಲ. "ಹುಡುಗಿ ಒಪ್ಪಿಗೇನಾ ಅಂತ ನಮ್ಮಪ್ಪ ಕೇಳಿದಾಗ 'ಇರಬಹುದು' ಅಂದಿದ್ರು. ಮೊಮ್ಮಕ್ಕಳಾದ್ರು, ಇನ್ನೂ ಉತ್ತರ ಬಂದಿಲ್ಲ ನೋಡಿ!"

ನೀರು ಸರಬರಾಜು ಕಚೇರಿಯಲ್ಲಿ ಅವರು ನೆಲದೊಳಗಿನ ಕೊಳವೆಗಳ ನಕ್ಷೆ ಬರೆಯುತ್ತಿದ್ದರು. ನಿವೃತ್ತಿಯ ನಂತರವೂ ಕಚೇರಿಯ ಕಂದು ಕೋಟು ಮೈಮೇಲಿಂದ ಇಳಿದಿರಲಿಲ್ಲ. ಬಲಜೇಬಿನಲ್ಲಿ ಸದಾ ಇರುತ್ತಿದ್ದ ಭೂತಗನ್ನಡಿಯ ಭಾರಕ್ಕೆ ಕೋಟು ಒಂದು ಕಡೆ ಜೋತುಬಿದ್ದು, ಅವರೇ ಬಲಕ್ಕೆ ವಾಲಿ ನಡೆಯುವಂತೆ ಕಾಣುತ್ತಿತ್ತು. ನಡೆಯುವಾಗ ಎದುರಿನವರ ಮುಖಕ್ಕಿಂತ ನೆಲದ ಮೇಲಿನ ನೆರಳುಗಳನ್ನು ನೋಡುವುದೇ ಹೆಚ್ಚು. ಅವರ ಕಸುಬಿನಲ್ಲಿ ಒಂದು ವಿಧಿಯಿತ್ತು: ಅಗೆದು ಕಣ್ಣಾರೆ ಕಂಡ ಕೊಳವೆಗೆ ಅಖಂಡ ಗೆರೆ, ಯಾರೋ ಹೇಳಿದ್ದನ್ನು ನಂಬಿ ಬರೆದ ಕೊಳವೆಗೆ ಚುಕ್ಕೆಗಳ ಸಾಲು. "ಕಂಡದ್ದಕ್ಕೆ ಗೆರೆ, ಕೇಳಿದ್ದಕ್ಕೆ ಚುಕ್ಕೆ. ಎರಡನ್ನೂ ಕಲಸಿದೋನು ಯಾರದೋ ಮನೆ ನೀರು ಕೆಡಿಸ್ತಾನೆ" ಎಂದು ಅವರು ನನಗೊಮ್ಮೆ ಹೇಳಿದ್ದರು. ಅವರ 'ಇರಬಹುದು' ಎಂಬುದು ಹಿಂಜರಿಕೆಯಲ್ಲ, ಬಾಯಿಂದ ಬರೆದ ಚುಕ್ಕೆಸಾಲು ಎಂದು ನನಗೆ ಅರ್ಥವಾದದ್ದು ಆವತ್ತು.

ನಮ್ಮ ಊರಿನವರದೊಂದು ವಾಟ್ಸಾಪ್ ಗುಂಪಿದೆ. ಕಳೆದುಹೋದ ಬೀಗದ ಕೈ, ಸಿಕ್ಕಿದ ನಾಯಿಮರಿ, ನಿಂತುಹೋದ ವಿದ್ಯುತ್ತು, ಎಲ್ಲದರ ವಿಚಾರಣೆಯೂ ಅಲ್ಲೇ. ಅದನ್ನು ನಡೆಸುವವನು ಔಷಧದ ಅಂಗಡಿಯವನು. ಹೋದ ವರ್ಷದ ಚಳಿಗಾಲ ಮುಗಿಯುವ ಹೊತ್ತಿಗೆ ಆತ ಅಪರಿಚಿತ ಹೆಂಗಸೊಬ್ಬಳನ್ನು ಗುಂಪಿಗೆ ಸೇರಿಸಿದ. ದೂರದ ಊರಿನ ಬಟ್ಟೆ ಗಿರಣಿಯಲ್ಲಿ ನೇಯ್ಗೆಯ ತಪ್ಪು ಹುಡುಕುವ ಕೆಲಸ ಆಕೆಯದು. ಬಂದವಳೇ ಒಂದು ಫೋಟೋ ಹಾಕಿ ಹೀಗೆ ಬರೆದಳು:

"ನಮಸ್ಕಾರ. ಎರಡು ವರ್ಷದ ಹಿಂದೆ ಅಮ್ಮನನ್ನು ಆಸ್ಪತ್ರೆಗೆ ತೋರಿಸಲು ಇಡೀ ದಿನದ ಬಸ್ಸಿನಲ್ಲಿ ನಿಮ್ಮ ಊರಿನ ಮೇಲೆ ಹೋಗಿದ್ದೆ. ಪಾರ್ಶ್ವವಾಯುವಿನಿಂದ ಅಮ್ಮನಿಗೆ ಮಾತು ಹೋಗಿತ್ತು, ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಒಂದು ಕಡೆ ಈ ಮನೆ ಕಂಡ ಕೂಡಲೇ ಕಿಟಕಿಯ ಗಾಜನ್ನು ಬೆರಳಿಂದ ಬಡಿದು ಬಡಿದು ಅತ್ತರು. ಅಮ್ಮ ಅನಾಥಾಲಯದಲ್ಲಿ ಬೆಳೆದವರು, ತವರು ಯಾವುದೆಂದು ಅವರಿಗೂ ತಿಳಿದಿರಲಿಲ್ಲ. ಈಗ ಅವರಿಲ್ಲ. ಇದು ಯಾವ ಜಾಗ, ದಯವಿಟ್ಟು ಯಾರಾದರೂ ಹೇಳಿ."

ಫೋಟೋದಲ್ಲಿ ಗಾಜಿಗೆ ಒತ್ತಿದ ಮುದಿಬೆರಳು. ಆಚೆಗೆ ನೀಲಿ ಬಾಗಿಲಿನ ತಗ್ಗಾದ ಕಟ್ಟಡ, ಬಾಗಿದ ಒಂದು ವಿದ್ಯುತ್ ಕಂಬ, ಹಿಂದೆ ಹೊರಗೆ ಮೆಟ್ಟಿಲಿರುವ ಎತ್ತರದ ನೀರಿನ ಟ್ಯಾಂಕು.

ಗುಂಪು ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. "ಇದು ನಮ್ಮ ಟ್ಯಾಂಕೇ. ಕಣ್ಣು ಮುಚ್ಕೊಂಡು ಹೇಳ್ತೀನಿ" ಎಂದ ಔಷಧದವನು. "ಕಣ್ಣು ಮುಚ್ಕೊಂಡಿದ್ದಕ್ಕೇ ಹಾಗೆ ಕಾಣ್ತಿದೆ" ಎಂದ ಟೈರ್ ಅಂಗಡಿಯವನು, "ನಮ್ಮ ಟ್ಯಾಂಕಿನ ಮೆಟ್ಟಿಲು ಹೊರಗಿದೆಯೇನಯ್ಯಾ?" ಆದರೂ ಊರಿನ ಅಭಿಮಾನ ದೊಡ್ಡದು. ಸಂಜೆಯೊಳಗೆ ಹತ್ತಾರು ಜನ ನಮ್ಮ ಟ್ಯಾಂಕನ್ನು ನಾನಾ ಕೋನಗಳಿಂದ ತೆಗೆದು ಹಾಕಿ, ಅದೇ ಇದು ಎಂದು ತೀರ್ಮಾನಿಸಿಬಿಟ್ಟರು. ಆ ಹೆಂಗಸು ಭಾನುವಾರವೇ ಹೊರಟುಬರುವುದಾಗಿ ಬರೆದಳು.

ಆಗ ನಕ್ಷೆಗಾರರು ಆಕೆಗೆ ಫೋನು ಮಾಡಿದರು. ನಾನು ಅವರ ಜಗಲಿಯಲ್ಲೇ ಕುಳಿತಿದ್ದೆ. "ಇದೇ ಊರು ಇರಬಹುದು, ಇರದೇನೂ ಇರಬಹುದು. ಅಷ್ಟಕ್ಕೇ ಟಿಕೆಟ್ ತಗೋಬೇಡಮ್ಮ" ಎಂದರು. ಆಮೇಲೆ ಕೇಳಿದ ಪ್ರಶ್ನೆಗಳು ಮಾತ್ರ ವೈದ್ಯರು ನಾಡಿ ಹಿಡಿದಂತಿದ್ದವು. ಫೋಟೋವನ್ನು ಫೋಟೋವಾಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿ, ಅದರೊಳಗೆ ಅಡಗಿರುವ ಸಮಯ ಸ್ಥಳಗಳ ವಿವರವನ್ನು ಅಳಿಸಿಬಿಡುತ್ತದೆ. ಆದ್ದರಿಂದ ಮೂಲವನ್ನೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದರು. ಬಂದ ಮೂಲದಲ್ಲಿ ಸ್ಥಳದ ಗುರುತಿರಲಿಲ್ಲ, ಲೊಕೇಶನ್ ಆಫ್ ಮಾಡಿಟ್ಟಿದ್ದಳು. ಸಮಯವಿತ್ತು, ಚಳಿಗಾಲದ ಒಂದು ನಡು ಮಧ್ಯಾಹ್ನ. "ಅದೇ ದಿನ ಬೇರೆ ಏನಾದ್ರೂ ಹಿಡಿದಿದ್ಯಾ?" ಎಂದರು. ಮೊದಲು ಹಿಡಿದ ನದಿಯ ಸೇತುವೆ, ಆಮೇಲೆ ಹಿಡಿದ ಗಡಿಯಾರದ ಗೋಪುರ, ಎರಡೂ ಬಂದವು. ಅವೆರಡೂ ಎಲ್ಲಿವೆಯೆಂಬುದು ಎಲ್ಲರಿಗೂ ಗೊತ್ತು. ನಡುವಿನ ದಾರಿಯನ್ನು ಹೊತ್ತಿನ ಲೆಕ್ಕದಲ್ಲಿ ಹಂಚಿ ನೋಡಿದಾಗ, ಬೇಕಾದ ಜಾಗ ನಮ್ಮ ಊರನ್ನು ದಾಟಿ ಬಹಳ ಮುಂದೆ ಬಿದ್ದಿತು. ಗುಂಪಿನ ಅಭಿಮಾನ ಅಲ್ಲಿಗೇ ನೀರಿಗೆ ಬಿತ್ತು.

ಅನಂತರ ಭೂತಗನ್ನಡಿ ಹೊರಬಂತು. "ಕಂಬದ ನೆರಳು ಯಾವ ಕಡೆ ಬಿದ್ದಿದೆ ನೋಡಿ" ಎಂದರು. ನೆರಳು ಬಸ್ಸಿನ ಕಡೆಗೇ ಚಾಚಿತ್ತು. ಚಳಿಗಾಲದ ಮಧ್ಯಾಹ್ನ ಸೂರ್ಯನಿರುವುದು ದಕ್ಷಿಣಕ್ಕೆ; ಅಂದರೆ ಕಿಟಕಿ ನೋಡುತ್ತಿದ್ದುದು ದಕ್ಷಿಣವನ್ನು. ತಾಯಿ ಕುಳಿತದ್ದು ಎಡಬದಿಗೆ ಎಂದು ಮಗಳು ಹೇಳಿದ್ದಳು. ಎಡಕ್ಕೆ ದಕ್ಷಿಣವಿದ್ದರೆ ಬಸ್ಸು ಹೋಗುತ್ತಿದ್ದುದು ಪಶ್ಚಿಮಕ್ಕೆ. ಬಹುಪಾಲು ದಕ್ಷಿಣಾಭಿಮುಖವಾದ ಆ ಹೆದ್ದಾರಿ ಪಶ್ಚಿಮಕ್ಕೆ ಹೊರಳುವುದು ಒಂದು ಗುಡ್ಡವನ್ನು ಬಳಸುವಲ್ಲಿ ಮಾತ್ರ. ಉಪಗ್ರಹದ ಚಿತ್ರದಲ್ಲಿ ಆ ತುಂಡು ದಾರಿಯನ್ನು ಒಂದಂಗುಲವೂ ಬಿಡದೆ ಸೋಸಿ, ಟ್ಯಾಂಕಿನ ದುಂಡು ನೆರಳೊಂದನ್ನು ಅವರು ಹಿಡಿದರು. ಆದರೂ ಬಾಯಿಗೆ ಬಂದದ್ದು ಅದೇ ಮಾತು: "ಇರಬಹುದು. ಹೋಗಿ ನೋಡ್ಬೇಕು." ಫೋಟೋವನ್ನು ಮತ್ತೊಮ್ಮೆ ಹತ್ತಿರಕ್ಕೆ ಹಿಡಿದು, ಹುಬ್ಬು ಗಂಟಿಕ್ಕಿ, ತಮಗೆ ತಾವೇ ಎಂಬಂತೆ ಹೇಳಿಕೊಂಡರು: "ರಸ್ತೆ ಬದಿ ಹುಲ್ಲು ಎಸಳೆಸಳಾಗಿ ಕಾಣ್ತಿದೆ. ಓಡೋ ಬಸ್ಸಿಂದ ತೆಗೆದ್ರೆ ಹತ್ತಿರದ್ದೆಲ್ಲ ಗೀಚಿದ ಹಾಗಿರ್ಬೇಕಿತ್ತು. ಇಲ್ಲಿ ಬಸ್ಸು ಯಾಕೆ ನಿಧಾನ ಆಯ್ತು?"

ನನ್ನ ಹಳೆಯ ಕಾರಿನಲ್ಲಿ ಹೋದೆವು. ಮೆಟ್ಟಿಲು ಹೊರಗಿರುವ ಟ್ಯಾಂಕು, ಬಾಗಿದ ಕಂಬ, ನೀಲಿ ಬಾಗಿಲು, ಎಲ್ಲವೂ ಇದ್ದವು. ಬಾಗಿಲಿಗೆ ತುಕ್ಕು ಹಿಡಿದ ಬೀಗ. ಪಕ್ಕದಲ್ಲೊಂದು ಚಹಾದಂಗಡಿ. ಆ ಮನೆಯವರು ಯಾರೆಂದು ಕೇಳಿದಾಗ ಅಂಗಡಿಯಾಕೆ ನಕ್ಕಳು. "ಮನೆ ಎಲ್ಲಿಂದ ಬಂತು ಸ್ವಾಮಿ? ರಸ್ತೆ ಇಲಾಖೆಯೋರ ಗೋದಾಮು ಅದು. ಡಾಂಬರು ಡಬ್ಬ ಇಡ್ತಿದ್ರು. ನಾನು ಮದುವೆಯಾಗಿ ಬಂದ ಮೇಲೆ ಕಟ್ಟಿದ್ದು."

"ಬಸ್ಸು ಇಲ್ಲಿ ನಿಲ್ಲುತ್ತಾ?" ಎಂದು ನಕ್ಷೆಗಾರರು ಕೇಳಿದರು.

"ನಿಲ್ಲುತ್ತೆ, ನಿಲ್ಲಲ್ಲ. ಗೋದಾಮಿನ ಹಿಂದೆ ಹೆಂಗಸರ ಶೌಚಾಲಯ ಇದೆ ನೋಡಿ. ಈ ದಾರೀಲಿ ಇದು ಬಿಟ್ರೆ ಸಂಜೆವರೆಗೂ ಇನ್ನೊಂದಿಲ್ಲ. ಹೊತ್ತಾಗಿದ್ರೆ ಡ್ರೈವರು ಇಲ್ಲಿ ನಿಧಾನ ಮಾಡಿ ಕನ್ನಡೀಲಿ ನೋಡ್ತಾನೆ. ಯಾರಾದ್ರೂ ಎದ್ದು ನಿಂತ್ರೆ, ಕೂಗಿದ್ರೆ, ನಿಲ್ಲಿಸ್ತಾನೆ. ಇಲ್ದಿದ್ರೆ ಹೊರಟೇಬಿಟ್ಟ. ದಿನಾ ಓಡಾಡೋರಿಗೆಲ್ಲ ಗೊತ್ತು."

ನಕ್ಷೆಗಾರರು ಚಹಾ ಕುಡಿಯಲಿಲ್ಲ. ಲೋಟ ಕೈಯಲ್ಲೇ ತಣ್ಣಗಾಯಿತು. ಕಾರಿಗೆ ಮರಳಿದ ಮೇಲೆ ಅವರು ಒಂದು ಮಾತು ಹೇಳಿದರು. ಫೋನಿನಲ್ಲಿ ಆ ಹೆಂಗಸು ಗಡಿಯಾರದ ಗೋಪುರದ ಫೋಟೋ ಯಾವಾಗ ತೆಗೆದದ್ದೆಂದು ವಿವರಿಸುತ್ತ ಅಂದಿದ್ದಳಂತೆ: ಅಲ್ಲಿ ಇಳಿದು ಅಮ್ಮನ ಬಟ್ಟೆ ಬದಲಿಸಬೇಕಾಯಿತು, ಸೀಟೆಲ್ಲ ಒದ್ದೆ, ಕಂಡಕ್ಟರು ಬೈದ, ಆ ಸಿಟ್ಟಿನಲ್ಲಿ ತಾನೂ ನಾಲ್ಕು ಜನರೆದುರು ಅಮ್ಮನನ್ನು ಗದರಿದೆ ಎಂದು. ತಂದೆ ಬದುಕಿರುವವರೆಗೆ ತಾಯಿ ಅವರೊಂದಿಗೆ ಅದೇ ಬಸ್ಸಿನಲ್ಲಿ ಎಷ್ಟೋ ಸಲ ಆಸ್ಪತ್ರೆಗೆ ಹೋಗಿದ್ದರೆಂದೂ ಆಕೆಯೇ ಹೇಳಿದ್ದಳು. ಎರಡು ಮಾತನ್ನೂ ಆಕೆ ಬೇರೆ ಬೇರೆ ಹೊತ್ತಿನಲ್ಲಿ ಹೇಳಿದ್ದಳು. ಜೋಡಿಸಿದ್ದು ಇವರು. ಮಾತಿಲ್ಲದ, ನಿಲ್ಲಲಾರದ ಮುದುಕಿ ಉಳಿದ ಒಂದೇ ಬೆರಳಿನಿಂದ ಬಸ್ಸು ನಿಲ್ಲಿಸಲು ಹೆಣಗುತ್ತಿದ್ದಾಗ, ಮಗಳು ಫೋಟೋ ಹಿಡಿಯುತ್ತಿದ್ದಳು.

ದಾರಿಯಲ್ಲೇ ಫೋನು ಬಂತು. ಅವರು ಸ್ಪೀಕರಿನಲ್ಲಿಟ್ಟರು.

"ಸಿಕ್ತಾ ಸರ್?"

"ಜಾಗ ಸಿಕ್ತಮ್ಮ."

"ಅಮ್ಮನ ತವರು ಅದೇ ಇರಬಹುದಾ?"

ನಕ್ಷೆಗಾರರು ಫೋನನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಆಮೇಲೆ ಅವರು, "ಇರಬಹುದು" ಎಂದರು.

ಜೀವಮಾನವಿಡೀ ಅವರು ಆಡಿದ ಅಸಂಖ್ಯ 'ಇರಬಹುದು'ಗಳಲ್ಲಿ ಸುಳ್ಳಾದದ್ದು ಇದೊಂದೇ. ಗೊತ್ತಿಲ್ಲದ್ದಕ್ಕೆ ಹಾಕುತ್ತಿದ್ದ ಚುಕ್ಕೆಯನ್ನು ಅಂದು ಅವರು ಕಣ್ಣಾರೆ ಕಂಡದ್ದಕ್ಕೆ ಹಾಕಿದ್ದರು. ಆ ರಾತ್ರಿ ಗುಂಪಿನಲ್ಲಿ ಆಕೆ ಎಲ್ಲರಿಗೂ ಕೈಮುಗಿದು, "ಅಮ್ಮನ ತವರು ಸಿಕ್ಕಿತು" ಎಂದು ಬರೆದಳು. ಔಷಧದವನು ಹೂವಿನ ಚಿತ್ರಗಳನ್ನು ಸುರಿದ.  ಮರುದಿನದಿಂದ ನಕ್ಷೆಗಾರರ ಬಾಯಿಯಿಂದ 'ಇರಬಹುದು' ಎಂಬ ಪದ ಮಾಯವಾಯಿತು. ಊಟವಾಯಿತೇ ಎಂದರೆ ಸುಮ್ಮನೆ ತಲೆಯಾಡಿಸುವರು. ಅವರ ಹೆಂಡತಿ ಒಂದು ದಿನ ಗೇಟಿನ ಬಳಿ ನನ್ನನ್ನು ತಡೆದು, ಮೊದಲ ಬಾರಿಗೆ ತಮಾಷೆಯಿಲ್ಲದ ದನಿಯಲ್ಲಿ ಕೇಳಿದರು: "ಏನಾಯ್ತು ಇವರಿಗೆ? ಬೈದ್ರೂ 'ಇರಬಹುದು' ಅನ್ನಲ್ಲವಲ್ಲ."

ತಿಂಗಳು ಕಳೆದ ಮೇಲೆ ಗುಂಪಿನಲ್ಲಿ ಆಕೆಯ ಹೊಸ ಫೋಟೋ ಕಾಣಿಸಿತು. ನೀಲಿ ಬಾಗಿಲಿನ ಮುಂದೆ, ಹೊಸ ಸೀರೆಯುಟ್ಟು, ಬೀಗವನ್ನು ಮುಟ್ಟಿ ನಿಂತಿದ್ದಾಳೆ, ಮುಖ ಅರಳಿದೆ. ಪಕ್ಕದಲ್ಲಿ ಚಹಾದಂಗಡಿಯಾಕೆ ಏನೋ ಹೇಳಲು ಬಾಯಿ ತೆರೆದಿದ್ದಾಳೆ. ಎಲ್ಲರೂ ಶುಭ ಹಾರೈಸಿದರು. ಸಂಜೆಯ ಹೊತ್ತಿಗೆ ಆಕೆಯ ಇನ್ನೊಂದು ಸಾಲು ಬಂತು: "ಹೋಗಿ ಬಂದೆ." ಅದರ ಕೆಳಗೇ, ಆಕೆ ಗುಂಪನ್ನು ತೊರೆದಳೆಂಬ ಸಣ್ಣ ಬೂದುಬಣ್ಣದ ಅಕ್ಷರಗಳು.

ನಾನು ಫೋನು ಹಿಡಿದುಕೊಂಡೇ ಅವರ ಜಗಲಿಗೆ ಹೋದೆ. ಕೋಟಿಲ್ಲದೆ ಕುಳಿತಿದ್ದರು, ಕೋಟಿಲ್ಲದ ಅವರನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಆಕೆಗೆ ತಿಳಿದಿರಬಹುದಾ ಸಾರ್?" ಎಂದೆ.

"ತಿಳಿದಿದೆ" ಎಂದರು.

ಲೋಕದಲ್ಲಿ ನಿಶ್ಚಯವಾಗಿ ಮಾತನಾಡುವವರಿಗೆ ಬರವಿಲ್ಲ. ಅವರ ತಪ್ಪುಗಳು ನಮ್ಮ ಟ್ಯಾಂಕಿನ ಫೋಟೋಗಳಂತೆ, ಸಂಜೆಯೊಳಗೆ ಮರೆತುಹೋಗುತ್ತವೆ. ಸಂಶಯವನ್ನೇ ವ್ರತವಾಗಿ ಹಿಡಿದವರ ಪಾಡು ಬೇರೆ. ಅವರ ಮಾತಿಗೆ ಊರು ಬೆಲೆ ಕೊಡುವುದು ಅದರಲ್ಲಿ ಕರುಣೆಯ ಬೆರಕೆಯಿಲ್ಲವೆಂಬ ನಂಬಿಕೆಯಿಂದ. ಎಂದಾದರೂ ಒಮ್ಮೆ, ಒಬ್ಬರ ನೋವಿಗೆ ಕರಗಿ, ಅವರು ಆ ಬೆರಕೆ ಮಾಡಿಬಿಟ್ಟರೆ, ಎದುರಿನವರು ಅದನ್ನೇ ಅಪ್ಪಟವೆಂದು ನಂಬಿ ಹೊಸ ಸೀರೆಯುಟ್ಟು ಹೊರಟುಬಿಡುತ್ತಾರೆ. ಇಂಥವರ ದಯೆಯೂ ಅಷ್ಟು ದೂರ ಹೋಗಿ ಮುಟ್ಟುತ್ತದೆ. ಆಮೇಲೆ ಅವರಿಗೆ ಉಳಿಯುವುದು ಅಖಂಡವಾದ ಒಂದು ಗೆರೆ. ಅದನ್ನು ಯಾರಿಗೂ ತೋರಿಸಲಾರದೆ, ಅಳಿಸಲೂ ಆರದೆ, ಸಂಜೆಯ ಜಗಲಿಯಲ್ಲಿ ಬಗಲಿಗೆ ಇಟ್ಟುಕೊಂಡು ಕೂರುತ್ತಾರೆ.