ಚಲೋ ನೀರು

ಫೋನು ತೊಟ್ಟಿಗೆ ಬಿದ್ದಾಗ ಸಬೀರಾ ನೋಡುತ್ತಲೇ ಇದ್ದಳು. ಶೆಡ್ಡಿನ ಮಾಲೀಕ ಮಹಾದೇವ ದ್ರಾವಣ ಎಷ್ಟಿದೆ ಎಂದು ಬಗ್ಗಿದ, ಅಂಗಿಯ ಜೇಬಿನಿಂದ ಫೋನು ಜಾರಿತು, ದ್ರಾಕ್ಷಿ ಗೊಂಚಲುಗಳ ನಡುವೆ ಮುಳುಗಿತು. ಅವಳೇ ತೋಳುದ್ದ ಕೈ ಹಾಕಿ ತೆಗೆದುಕೊಟ್ಟಳು.

‘ನಿಮ್ಮ ಕಣ್ಣು ಎಲ್ಲಿದ್ದೂವು? ಲಗೂನ ಹಿಡಿಯಾಕ ಬರೂದಿಲ್ಲೇನು?’ ಎಂದು ಅವನು ಅವಳ ಮೇಲೆಯೇ ಹರಿಹಾಯ್ದ.

ಸಬೀರಾ ತೋಳನ್ನು ಸೆರಗಿಗೆ ಒರೆಸಿಕೊಂಡಳು. ಹೊನವಾಡದಾಚೆಯ ಆ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನಲ್ಲಿ ಅವಳದು ಆರನೆಯ ಸುಗ್ಗಿ. ದ್ರಾಕ್ಷಿಯನ್ನು ಪೊಟ್ಯಾಷ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುವುದು, ಆಮೇಲೆ ನೆರಳಿನ ಜಾಳಿಗೆಗಳ ಮೇಲೆ ಹರವುವುದು ಅವಳ ಮತ್ತು ಇನ್ನೈದು ಹೆಂಗಸರ ಕೆಲಸ. ಆರು ಸುಗ್ಗಿಯಲ್ಲಿ ಅವಳ ಬೆರಳ ಸಂದುಗಳು ಬಿರಿದು, ಬಿರಿದದ್ದು ಕೂಡಿ, ಮತ್ತೆ ಬಿರಿದಿದ್ದವು. ‘ತೊಟ್ಟಿ ಬಾಜೂಕ ಒಂದು ಬ್ಯಾರಲ್ ಚಲೋ ನೀರು ಇಡ್ರಿ ಅಣ್ಣಾರ, ಕೈ ತೊಳ್ಕೋತೀವಿ’ ಎಂದು ಮೂರು ವರ್ಷದಿಂದ ಕೇಳುತ್ತಿದ್ದಳು. ಮೂರು ವರ್ಷದಿಂದ ಅವನು ‘ನೋಡೂಣು’ ಎನ್ನುತ್ತಿದ್ದ. ಶೆಡ್ಡಿನಲ್ಲಿ ಇರುವುದು ಕುಡಿಯುವ ನೀರಿನ ಒಂದೇ ಕೊಡ, ಅದೂ ಅವನು ಗಾಡಿಯ ಮೇಲೆ ತರುವುದು. ಅದನ್ನು ಕೈಗೆ ಸುರಿಯುವ ಧೈರ್ಯ ಯಾರಿಗೂ ಇರಲಿಲ್ಲ.

ಮಹಾದೇವ ಫೋನನ್ನು ಟವೆಲಿನಿಂದ ತಿಕ್ಕಿ ಒರೆಸಿದ. ‘ಏನೂ ಆಗಂಗಿಲ್ಲ ಇದಕ್ಕ. ನೀರಾಗ ಹಾಕಿದ್ರೂ ಸಾಯಂಗಿಲ್ಲಂತ ನೋಡೇ ತಗೊಂಡೇನಿ.’ ಫೋನು ನಿಜಕ್ಕೂ ಸತ್ತಿರಲಿಲ್ಲ. ಪರದೆ ಬೆಳಗಿತು. ಬ್ಯಾಟರಿ ಆರು ಪರ್ಸೆಂಟು. ಅವನು ಗೋಡೆಯ ಬೋರ್ಡಿಗೆ ಹಾಕಿದ್ದ ಚಾರ್ಜರಿನ ವೈರನ್ನು ಚುಚ್ಚಿದ. ಫೋನು ಕಿಣ್ಣೆಂದಿತು. ಹಳದಿ ತ್ರಿಕೋನ, ಒಂದು ನೀರಿನ ಹನಿ, ಕೆಳಗೆ ಅಕ್ಷರ: ಚಾರ್ಜಿಂಗ್ ಪೋರ್ಟ್‌ನಲ್ಲಿ ತೇವಾಂಶ ಪತ್ತೆಯಾಗಿದೆ.

‘ತೇವಾಂಶ! ನಿನ್ನ ಅಜ್ಜಿ ತೇವಾಂಶ!’

ವೈರು ಕಿತ್ತ, ತೂತಿಗೆ ಬಾಯಿಟ್ಟು ಉಫ್ ಎಂದು ಊದಿದ, ಮತ್ತೆ ಚುಚ್ಚಿದ. ಕಿಣ್. ಕಿತ್ತ, ಊದಿದ, ಚುಚ್ಚಿದ. ಕಿಣ್.

ಅವನ ಸಿಟ್ಟಿಗೆ ಕಾರಣ ಎಲ್ಲರಿಗೂ ಗೊತ್ತಿತ್ತು. ಡಾಂಬರು ರಸ್ತೆಯಿಂದ ಶೆಡ್ಡಿಗೆ ಬರುವ ದಾರಿ ತುಕಾರಾಮನ ಹೊಲದ ಬದುವಿನ ಮೇಲೆ ಹಾಯುತ್ತದೆ. ಹದಿನೈದು ದಿನದ ಹಿಂದೆ ಆತ ಜಾಲಿಮುಳ್ಳು ಒಟ್ಟಿ, ಕಲ್ಲು ಹಾಕಿ ದಾರಿ ಬಂದ್ ಮಾಡಿದ್ದ. ಇಲ್ಲಿ ದಾರಿಯೇ ಇರಲಿಲ್ಲ ಎಂಬುದು ಅವನ ಮಾತು. ಇವತ್ತು ನಾಲ್ಕಕ್ಕೆ ಟಿಕೋಟಾದಿಂದ ಸರ್ಕಲ್ ಸಾಹೇಬರು, ಅಂದರೆ ಕಂದಾಯ ನಿರೀಕ್ಷಕರು, ಸ್ಥಳ ನೋಡಿ ಬರೆದುಕೊಳ್ಳಲು ಬರುವವರಿದ್ದರು. ಮಹಾದೇವನ ಹತ್ತಿರ ಇದ್ದದ್ದು ಒಂದೇ ಒಂದು ಸಾಕ್ಷಿ. ಹೋದ ಮಾರ್ಚಿನಲ್ಲಿ, ಈ ಫೋನು ಹೊಸದಿದ್ದಾಗ, ಅವನೇ ತೆಗೆದ ವಿಡಿಯೋ. ಅದೇ ದಾರಿಯ ಮೇಲೆ ದ್ರಾಕ್ಷಿ ತುಂಬಿದ ಟೆಂಪೊ, ಟೆಂಪೊದ ಮೇಲೆ ಗೊಂಚಲು ಹಿಡಿದು ನಗುತ್ತ ಕೂತ ತುಕಾರಾಮ. ಆಗ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು.

ಅದು ಮಹಾದೇವನೊಬ್ಬನ ಕಷ್ಟವಲ್ಲ ಎನ್ನುವುದು ಸಬೀರಾಳಿಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು. ಈ ಹದಿನೈದು ದಿನ ಹೆಂಗಸರು ಹಳ್ಳ ಸುತ್ತಿ, ಅರ್ಧ ತಾಸು ನಡೆದು ಬರುತ್ತಿದ್ದರು. ದಾರಿ ಇಲ್ಲವೆಂದು ಕಾಗದದಲ್ಲಿ ಬಿದ್ದರೆ ಮಹಾದೇವ ತನ್ನ ದ್ರಾಕ್ಷಿಯನ್ನು ಬಬಲೇಶ್ವರದ ಕಡೆಯ ಯಾರದೋ ಶೆಡ್ಡಿಗೆ ಸಾಗಿಸುತ್ತಾನೆ. ಅಲ್ಲಿಗೆ ಇವಳ ಸುಗ್ಗಿ ಮುಗಿಯಿತು.

ಮಹಾದೇವ ಅದೇ ಫೋನಿನಿಂದ, ಅದನ್ನು ಮಾರಿದ ಅಂಗಡಿಯವನಿಗೆ ಹಚ್ಚಿ ಬೈದ. ಅಷ್ಟಕ್ಕೂ ಸಿಟ್ಟು ಇಳಿಯದೆ ತನ್ನ ಹೆಂಡತಿಯ ಅಣ್ಣನಿಗೆ ಹಚ್ಚಿ, ಇಂಥ ಫೋನು ತೊಗೊ ಎಂದು ಹೇಳಿದವನು ನೀನೇ ಎಂದು ಬೈದ. ನಡುನಡುವೆ ಊದಿ, ಚುಚ್ಚಿ, ಕಿಣ್ ಎನ್ನಿಸಿದ. ಬೈಗುಳದ ಮಧ್ಯದಲ್ಲೇ ಪರದೆ ಕಪ್ಪಾಯಿತು.

ಟೆಂಪೊ ಓಡಿಸುವ ರಮಜಾನ ರಸ್ತೆಯ ಮೇಲೆ ಗಾಡಿ ಬಿಟ್ಟು ಅಷ್ಟೊತ್ತಿಗೆ ನಡೆದು ಬಂದಿದ್ದ. ‘ಅಲ್ಲಣ್ಣಾ, ಅಷ್ಟು ಹೊತ್ತು ಚಾಲೂ ಇತ್ತಲ್ಲ, ಆ ವಿಡಿಯೋ ನನಗ ಕಳಿಸಿದ್ರ ಮುಗದ್ಹೋಗ್ತಿತ್ತು.’

ಹೆಂಗಸರಲ್ಲಿ ಒಬ್ಬಾಕೆ ಸೆರಗು ಬಾಯಿಗೆ ಇಟ್ಟುಕೊಂಡಳು.

‘ಶಾಣ್ಯಾ! ಈಗ ಬಂದ ನೋಡು ಶಾಣ್ಯಾ!’ ಎಂದು ಮಹಾದೇವ ಖಾಲಿ ಬುಟ್ಟಿಯನ್ನು ಒದ್ದ.

ರಮಜಾನ ತನ್ನ ಪವರ್ ಬ್ಯಾಂಕ್ ಕೊಟ್ಟ. ಸತ್ತ ಫೋನಿಗೆ ಅದನ್ನು ಹಚ್ಚಿದರೆ ಅದೇ ಹನಿ ಮೂಡಿ ಮಾಯವಾಯಿತು. ಬಿಸಿಲಿಗೆ ಕಾದ ತಗಡಿನ ಮೇಲೆ ಇಟ್ಟರು, ಹನಿ ಹೋಗಲಿಲ್ಲ. ಜೋಳದ ಚೀಲದಲ್ಲಿ ಹುಗಿಯಲು ಹೊರಟಾಗ ಸಬೀರಾ ತಡೆದುಕೊಳ್ಳಲಾರದೆ ಹೇಳಿದಳು.

‘ಅದು ಹಂಗ ಒಣಗಂಗಿಲ್ಲ ಅಣ್ಣಾರ. ಅದಕ್ಕ ನೀರು ಹಾಕ್ರಿ.’

‘ಏನಂದಿ?’

‘ಚಲೋ ನೀರು ಹಾಕಿ ತೊಳೀರಿ ಅಂದೆ.’

‘ನೀರು ಹೊಕ್ಕೇ ಸತ್ತೈತಿ, ಇನ್ನಷ್ಟು ನೀರು ಕುಡಸಂತೀ? ತಲಿ ನೆಟ್ಟಗೈತೇನಬೇ ನಿಂದು? ಹೋಗು, ಹಣ್ಣು ಅದ್ದು ಹೋಗು. ಮಾತು ಕಲ್ತೀರಿ ಎಲ್ಲಾರೂ!’

ಅವಳು ಹೋದಳು. ಹಣ್ಣು ಅದ್ದಿದಳು. ಅವಳೊಳಗೆ ಏನೋ ಕುದಿಯುತ್ತಿತ್ತು. ತೊಟ್ಟಿಯ ನೀರು ಕೈಗೆ ಹತ್ತಿದರೆ ಹೇಗಿರುತ್ತದೆಂದು ಅವಳ ಚರ್ಮಕ್ಕೆ ಗೊತ್ತು. ಎಷ್ಟು ಒರೆಸಿದರೂ ಬೆರಳು ಜಿಬಿಜಿಬಿ. ಉರಿಬಿಸಿಲಲ್ಲಿ ನಡೆದು ಮನೆ ಮುಟ್ಟಿದರೂ ಸಂದುಗಳಲ್ಲಿ ಪಸೆ ಹಾಗೇ ಇರುತ್ತದೆ. ಒಣಗಿದ ಪೊಟ್ಯಾಷ್ ಗಾಳಿಯಿಂದ ನೀರನ್ನು ಎಳೆದುಕೊಂಡು ಮತ್ತೆ ಹಸಿಯಾಗುತ್ತದೆ. ಚಲೋ ನೀರಿನಲ್ಲಿ ತೊಳೆದ ಮೇಲಷ್ಟೇ ಕೈ ಒಣಗುವುದು. ಇದನ್ನು ಹೇಳಲು ಅವಳು ಎಷ್ಟು ಸಲ ಇವನ ಮುಂದೆ ನಿಂತಿದ್ದಳು! ಅನುಭವಿಸಲಿ. ಸಾಹೇಬರ ಮುಂದೆ ಕರಿ ಫೋನು ಹಿಡಿದು ನಿಲ್ಲಲಿ.

ಮಹಾದೇವ ಊದುವ ಸದ್ದು ಕೇಳುತ್ತಲೇ ಇತ್ತು. ಉಫ್. ಉಫ್.

ಹನ್ನೆರಡೂವರೆಗೆ ಅವಳು ಕೈಯನ್ನು ಸೀರೆಗೆ ಒರೆಸಿ, ಬಟನ್ ಫೋನಿನಿಂದ ಮಗಳಿಗೆ ಹಚ್ಚಿದಳು. ಸೈಮಾ ವಿಜಯಪುರದ ಜಲನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಸಬೀರಾ ನಡೆದದ್ದನ್ನೆಲ್ಲ ಹೇಳಿ, ಸ್ಪೀಕರ್ ಹಾಕಿ ಮಹಾದೇವನ ಮುಂದೆ ಹಿಡಿದಳು.

‘ಅಮ್ಮಿ ಹೇಳಿದ್ದು ಖರೇ ಐತಿ, ಕಾಕಾ’ ಎಂದಳು ಸೈಮಾ. ‘ಆ ತೂತಿನೊಳಗ ಕೂದಲಿನಂಥ ಪಿನ್ ಇರ್ತಾವು. ಒಂದು ಪಿನ್ನಿಂದ ಇನ್ನೊಂದಕ್ಕ ಕರೆಂಟ್ ಸೋರಾಕತ್ತೈತೇನಂತ ಫೋನು ತಾನ ಪರೀಕ್ಷಾ ಮಾಡ್ತೈತಿ. ಹಸಿ ಇದ್ರ ಸೋರ್ತೈತಿ. ಅಂಥಾದ್ರಾಗ ಚಾರ್ಜರಿನ ಕರೆಂಟ್ ಬಿಟ್ರ ಪಿನ್ ಹಸಿರುಗಟ್ಟಿ ತಿಂದ್ಹೋಗ್ತಾವು, ಶಾರ್ಟ್ ಆದ್ರೂ ಆತು. ಅದಕ್ಕ ಅದು ಬಾಗಲಾ ಹಾಕ್ಕೊಂಡೈತಿ. ನಿಮ್ಮ ಮ್ಯಾಲಿನ ದ್ವೇಷಕ್ಕಲ್ಲ.’

‘ನಾ ಒಂದು ತಾಸಾತು ಊದಾಕತ್ತೇನಿ!’

‘ಬಾಯಾಗಿನ ಗಾಳಿ ಹಸಿ ಅಲ್ಲೇನ್ರೀ? ಕನ್ನಡಿಗೆ ಊದಿ ನೋಡ್ರಿ. ನೀವ ಒಣಗಸ್ತೀರಿ, ನೀವ ತೋಯಿಸ್ತೀರಿ. ಬರೇ ನೀರು ಬಿದ್ದಿದ್ರ ಗಾಳಿಗಿಟ್ರ ಸಾಕಿತ್ತು. ಪೊಟ್ಯಾಷ್ ಉಪ್ಪಿದ್ದಂಗ, ಅಲ್ಲೇ ಕುಂತಿರ್ತೈತಿ. ನಿಮ್ಮ ಫೋನು ನೀರು ತಡಕೊಳ್ಳೂದು ಇದ್ರ ಚಲೋ ನೀರಾಗ ತೂತು ಜಾಲಾಡಸ್ರಿ. ಸಾದಾ ಫೋನಿದ್ರ ಹಿಂಗ ಹೇಳ್ತಿದ್ದಿಲ್ಲ. ಆಮ್ಯಾಲ ತೂತು ಕೆಳಗ ಮಾಡಿ ಕೈಮ್ಯಾಲ ಸಣ್ಣಗ ಬಡೀರಿ, ನೆರಳಾಗ ಗಾಳಿಗಿಡ್ರಿ. ಬಿಸಿಲು ಬ್ಯಾಡ, ಕಡ್ಡಿ ಬ್ಯಾಡ, ಹತ್ತಿ ಬ್ಯಾಡ. ಮತ್ತ ಆ ವೈರು ಬ್ಯಾಡ, ಅದರ ಮೂತಿಗೂ ಪೊಟ್ಯಾಷ್ ಹತ್ತೈತಿ.’

‘ನಾಕಕ್ಕ ಆಕ್ಕೈತೇನು?’

‘ಗ್ಯಾರಂಟಿ ಕೊಡಾಕ ಬರೂದಿಲ್ರೀ ಕಾಕಾ. ಒಮ್ಮೊಮ್ಮೆ ದಿನಾ ಪೂರ್ತಿ ಹಿಡಿತೈತಿ. ನಡುವ ಚುಚ್ಚಿ ನೋಡಬ್ಯಾಡ್ರಿ ಅಷ್ಟ.’

ಮಹಾದೇವ ಸಬೀರಾಳ ಕಡೆ ನೋಡಲಿಲ್ಲ. ಫೋನನ್ನು ಅವಳ ಕೈಗೆ ತುರುಕಿ, ‘ಕೆಟ್ಟಿತಂದ್ರ ನೋಡು ಮತ್ತ’ ಎಂದ.

ಅವಳು ಕುಡಿಯುವ ಕೊಡದಿಂದ ಒಂದು ಚರಿಗೆ ನೀರು ತೆಗೆದುಕೊಂಡಳು. ತೂತಿನ ಮೇಲೆ ಸಣ್ಣ ಧಾರೆ ಬಿಟ್ಟು, ಅಲುಗಾಡಿಸಿ, ಚೆಲ್ಲಿ, ಮತ್ತೆ ಬಿಟ್ಟಳು. ಚರಿಗೆ ಬರಿದಾಗುವವರೆಗೆ ಮಹಾದೇವ ಹಲ್ಲು ಕಚ್ಚಿ ನಿಂತಿದ್ದ. ಬಡಿದು ನೀರಿಳಿಸಿದ ಮೇಲೆ, ಪಶ್ಚಿಮದ ಗಾಳಿ ನೇರ ಹೊಡೆಯುವ ಜಾಳಿಗೆಯ ಅಂಚಿಗೆ, ತೂತು ಕೆಳಗಾಗುವಂತೆ ದಾರದಿಂದ ಕಟ್ಟಿದಳು. ಹಸಿರು ಬಿಟ್ಟು ಹೊನ್ನಾಗುತ್ತಿದ್ದ ಮಣೂಕದ ಪಕ್ಕ ಅದು ತೂಗುತ್ತ ನಿಂತಿತು.

ಒಂದೂವರೆಗೆ ಮಹಾದೇವ ಚುಚ್ಚಿ ನೋಡಲು ಎದ್ದ. ಸಬೀರಾ ಅಡ್ಡ ನಿಂತಳು. ಎರಡೂವರೆಗೆ ಮತ್ತೆ ಎದ್ದ.

‘ಮುಟ್ಟಿದ್ರ ನಾವು ಆರೂ ಮಂದಿ ಮನಿಗಿ ಹೊಂಟೀವಿ ನೋಡ್ರಿ’ ಎಂದಳು.

ಅವನು ಕೈ ಎತ್ತಿದ, ಬೈಯಲು ಬಾಯಿ ತೆರೆದ, ತಿರುಗಿ ಹೋಗಿ ಚೀಲದ ಮೇಲೆ ಕುಳಿತ. ಹೆಂಗಸರು ತೊಟ್ಟಿಗೆ ಮರಳಿದರು. ತಗಡು ಕಾಯುವ ಸದ್ದು, ಗೊಂಚಲು ನೀರಿನಿಂದ ಏಳುವ ಸದ್ದು, ಇಷ್ಟೇ.

ನಾಲ್ಕಕ್ಕೆ ಸಾಹೇಬರು ಬೈಕ್ ಮೇಲೆ ಬಂದರು. ಹಿಂದೆ ತುಕಾರಾಮ ಬಂದ. ಎಲ್ಲರೂ ಮುಳ್ಳಿನ ಹತ್ತಿರ ನಿಂತರು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು, ‘ಪುರಾವೆ ಏನೈತಿ?’ ಎಂದರು.

‘ಅವನ ಪುರಾವೆ ನೀರು ಕುಡದು ಮಲಗೈತ್ರಿ ಸಾಹೇಬ್ರ’ ಎಂದು ತುಕಾರಾಮ ನಕ್ಕ. ಸುದ್ದಿ ಬದು ದಾಟಿ ಹೋಗಿತ್ತು.

‘ನಿನ್ನವ್ವನ...’ ಎಂದು ಮಹಾದೇವ ಮುನ್ನುಗ್ಗಿದ. ರಮಜಾನ ಅವನ ಸೊಂಟ ಹಿಡಿದುಕೊಂಡ.

ಸಬೀರಾ ದಾರ ಬಿಚ್ಚಿ ತಂದಿದ್ದ ಫೋನಿಗೆ ರಮಜಾನ ಗಾಡಿಯಿಂದ ತಂದ ಬೇರೊಂದು ಒಣ ವೈರಿನಿಂದ ಪವರ್ ಬ್ಯಾಂಕ್ ಹಚ್ಚಿದಳು. ಹನಿ ಮೂಡಲಿಲ್ಲ. ಕಪ್ಪು ಪರದೆಯ ನಡುವೆ ಒಂದು ಮಿಂಚಿನ ಗುರುತು ಬಂತು.

‘ಐದು ಮಿನಿಟ್ ತಡೀರಿ ಸಾಹೇಬ್ರ’ ಎಂದಳು.

‘ನಾ ಬಬಲೇಶ್ವರಕ್ಕ ಹೋಗೂದೈತಿ.’

‘ಹದಿನೈದು ದಿನಾ ನಾವು ಹಳ್ಳಾ ಸುತ್ತೇವ್ರಿ. ನೀವು ಐದು ಮಿನಿಟ್ ನಿಲ್ರಿ.’

ಅವಳ ದನಿಗೆ ಸಾಹೇಬರು ಪೆನ್ನು ಕೆಳಗಿಳಿಸಿದರು. ಐದು ನಿಮಿಷ ಕಳೆಯಿತು. ಫೋನು ಎದ್ದಿತು. ಮಹಾದೇವ ವಿಡಿಯೋ ಹುಡುಕಿ ಒತ್ತಿದ. ಟೆಂಪೊ ಕುಲುಕುತ್ತ ಬಂತು. ಮೇಲೆ ಕೂತ ತುಕಾರಾಮ, ‘ಬಾರ್ಲೇ ಮಾದ್ಯಾ, ಈ ದಾರಿ ನಮ್ಮಪ್ಪನ ಕಾಲದ್ದೈತಿ, ಕಣ್ಣು ಕಟ್ಟಿ ಹೊಡದ್ರೂ ಗಾಡಿ ಮನಿ ಮುಟ್ಟತೈತಿ’ ಎಂದು ನಕ್ಕ. ನಗು ನಿಂತ ಮೇಲೆ ನಿಜವಾದ ತುಕಾರಾಮ ಯಾರ ಮುಖವನ್ನೂ ನೋಡದೆ ನಿಂತಿದ್ದ. ಮಹಾದೇವನೂ ಅವನನ್ನು ನೋಡಲಿಲ್ಲ. ಸಾಹೇಬರು ದಾರಿ ಇತ್ತೆಂದು ಬರೆದುಕೊಂಡರು, ಎಲ್ಲರ ಸಹಿ ತೆಗೆದುಕೊಂಡರು.

ಶೆಡ್ಡಿಗೆ ಮರಳಿದಾಗ ಮಹಾದೇವ ಜಾಳಿಗೆಗಳನ್ನು ನೋಡಿ, ‘ಇವತ್ತ ಅರ್ಧಾನೂ ಅದ್ದಿಲ್ಲಲ್ಲ. ದಿನಾ ಹಾಳಾತು’ ಎಂದ.

ಸಬೀರಾ ಅವನನ್ನು ಒಂದು ಗಳಿಗೆ ನೋಡಿದಳು. ಕೊಡದ ಹತ್ತಿರ ಹೋದಳು. ಅದನ್ನು ಎತ್ತಿ ತೊಡೆಗೆ ಆನಿಸಿ ಬಗ್ಗಿಸಿ, ಒಂದೊಂದೇ ಕೈಯ ಮೇಲೆ ನೀರು ಸುರಿದುಕೊಂಡಳು. ಬೆರಳ ಸಂದು, ಉಗುರ ಬುಡ, ಮುಂಗೈ. ಅವಸರ ಮಾಡಲಿಲ್ಲ. ಆಮೇಲೆ ಉಳಿದ ಐವರು ಸಾಲಾಗಿ ಬಂದು ಕೈ ಚಾಚಿದರು. ಅವಳು ಎಲ್ಲರಿಗೂ ಸುರಿದಳು.

ಮಹಾದೇವನ ಬಾಯಿ ತೆರೆಯಿತು. ಸಬೀರಾ ಕೊಡದ ಕೊನೆಯ ಹನಿಯನ್ನೂ ಬಸಿದು, ಖಾಲಿ ಕೊಡವನ್ನು ಅವನ ಕಾಲ ಮುಂದೆ ಇಟ್ಟಳು. ಒಣಗಲು ಬಿಟ್ಟ ಎರಡೂ ಕೈಗಳನ್ನು ಗಾಳಿಗೆ ಹಿಡಿದು ನಿಂತಳು.

ಅವನು ಕೊಡವನ್ನು ನೋಡಿದ, ಕೈಗಳನ್ನು ನೋಡಿದ. ಕೊಡ ಎತ್ತಿಕೊಂಡು, ಸಿಟ್ಟಿನಿಂದಲೇ, ಗಾಡಿಯ ಕಡೆ ನಡೆದ.