ಒಸಡು ಚೆನ್ನಾಗಿದೆ

ಇಪ್ಪತ್ತಮೂರು ವರ್ಷದಿಂದ ನಾನು ಕಂಡವರ ಬಾಯಿಗೆಲ್ಲ ಹಲ್ಲು ಕಟ್ಟುತ್ತಿದ್ದೇನೆ. ಕೆಳಗೆ ಡಾಕ್ಟರ ಕ್ಲಿನಿಕ್ಕು, ಮೇಲೆ ನನ್ನ ಲ್ಯಾಬು. ಅವರು ಅಚ್ಚು ತೆಗೆದು ಕಳಿಸುತ್ತಾರೆ, ನಾನು ಗಾರೆ ಹುಯ್ದು, ಮೇಣದಲ್ಲಿ ಹಲ್ಲು ಜೋಡಿಸಿ, ಆ ಹಲ್ಲುಸೆಟ್ಟು ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ಕೆಳಗಿಳಿಸುತ್ತೇನೆ. ಅದಕ್ಕೇ ಅವರು ನನ್ನನ್ನು ಕರೆಯುವುದು ಮೇಸ್ತ್ರಿ ಎಂದು. ಮೂವತ್ತೆರಡು ಹಲ್ಲೂ ಸ್ವಂತದ್ದು ಇಟ್ಟುಕೊಂಡು ಬೋಡುಬಾಯಿಯವರ ನಡುವೆ ಬದುಕುವುದೆಂದರೆ ಸ್ವಲ್ಪ ಸೊಕ್ಕು ಬಂದೇ ಬರುತ್ತದೆ. ನನಗೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಆ ಸೊಕ್ಕಿಗೆ ಡಾಕ್ಟರೇ ನೀರೆರೆಯುತ್ತಿದ್ದರು. ಹನ್ನೊಂದು ವರ್ಷದಿಂದ, ವರ್ಷಕ್ಕೊಮ್ಮೆ ಕೆಲಸ ಮುಗಿದ ಮೇಲೆ ಕುರ್ಚಿಯಲ್ಲಿ ಕೂರಿಸಿ, ಬಿಟ್ಟಿಯಾಗಿ ಹಲ್ಲು ತೊಳೆದು, ಕನ್ನಡಿ ಹಿಡಿದು, "ನೋಡು ಮೇಸ್ತ್ರಿ, ಮದುವೆ ಗಂಡಿನ ಹಲ್ಲು" ಎನ್ನುತ್ತಿದ್ದರು. ಬೆಳಿಗ್ಗೆ ನಾನು ಉಜ್ಜುವಾಗ ರಕ್ತ ಬರುತ್ತದೆ ಎಂದು ನನ್ನವಳು ನಾಲ್ಕೈದು ವರ್ಷದಿಂದ ಬಾಯಿ ಬಡಿದುಕೊಳ್ಳುತ್ತಿದ್ದಳು. "ಬ್ರಷ್ ಗಟ್ಟಿ ಕಣೇ" ಎಂದು ಅವಳ ಬಾಯಿ ಮುಚ್ಚಿಸಿದ್ದೆ. ಡಾಕ್ಟರೇ ನೋಡಿ ಸೈ ಅಂದ ಮೇಲೆ ಇವಳದ್ದೇನು ರಗಳೆ ಎಂಬುದು ನನ್ನ ಲೆಕ್ಕ.

ಒಂದು ಗುರುವಾರ ಬಲಗಡೆಯ ಕೆಳದವಡೆ ಊದಿಕೊಂಡಿತು, ಒತ್ತಿದರೆ ಕೀವು. ಡಾಕ್ಟರು ಮದುವೆಗೆಂದು ಪರ ಊರಿಗೆ ಹೋಗಿದ್ದರು. ವಾರಕ್ಕೊಮ್ಮೆ ಬಂದು ಹೋಗುವ ಒಸಡಿನ ಡಾಕ್ಟ್ರಮ್ಮ ಇದ್ದರು. ಮೂವತ್ತು ದಾಟಿರದ ಹುಡುಗಿ, ಮಾತು ಕಮ್ಮಿ. ಕೀವು ಬಸಿದು ಹೋಗುವಂತೆ ಮಾಡಿದ ಮೇಲೆ ಒಂದು ಸಣ್ಣ ಕಡ್ಡಿ ಕೈಗೆತ್ತಿಕೊಂಡರು. ಅದರ ಮೈಮೇಲೆ ಮಿಲಿಮೀಟರ್ ಗೆರೆಗಳು. ಹಲ್ಲಿಗೂ ಒಸಡಿಗೂ ನಡುವಿನ ಸಂದಿನಲ್ಲಿ ಅದನ್ನು ಮೆಲ್ಲಗೆ ಇಳಿಸಿ, ಒಂದೊಂದು ಹಲ್ಲಿಗೂ ಆರಾರು ಕಡೆ ಅಳೆದು, ನರ್ಸಿಗೆ ಅಂಕಿ ಹೇಳತೊಡಗಿದರು.

"ಏಳು, ಐದು, ಎಂಟು. ರಕ್ತ. ಆರು, ಏಳು, ಒಂಬತ್ತು. ರಕ್ತ."

ಬಾಯಿ ಬಿಟ್ಟುಕೊಂಡೇ ಕೇಳಿದೆ. "ಎಷ್ಟಿರ್ಬೇಕು ಡಾಕ್ಟ್ರಮ್ಮ?"

"ಮೂರರೊಳಗೆ. ಒಸಡು ಹಲ್ಲಿಂದ ಬಿಟ್ಕೊಂಡು ಒಳಗೆ ಜೇಬಿನ ಥರ ಆಗಿದೆ. ಅದರ ಕೆಳಗೆ ಮೂಳೆ ಕರಗ್ತಿದೆ. ಯಾರೂ ಅಳತೆ ಮಾಡಿಲ್ವಾ ಇಷ್ಟು ದಿನ?"

ಅವರೇ ನನ್ನ ಹಳೇ ಕಾರ್ಡು ತರಿಸಿದರು. ಹನ್ನೊಂದು ವರ್ಷದ ಹನ್ನೊಂದು ಸಾಲು, ಡಾಕ್ಟರ ಕೈಬರಹ. ಪ್ರತಿ ಸಾಲಿನಲ್ಲೂ ಅದೇ ಮಾತು: ಕ್ಲೀನಿಂಗ್ ಆಯಿತು, ಒಸಡು ಚೆನ್ನಾಗಿದೆ. ಒಂದೇ ಒಂದು ಅಂಕಿ ಇರಲಿಲ್ಲ. ಡಾಕ್ಟ್ರಮ್ಮ ಓದಿ, ನನಗೂ ತೋರಿಸಿ, ಕಾರ್ಡು ಮಡಚಿದರು.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಹುಳ. ಹಲ್ಲು ಉಳಿಯುತ್ತದೋ ಬಿಡುತ್ತದೋ ಆಮೇಲಿನ ಮಾತು. ಡಾಕ್ಟರು ನೋಡಿರಲೇ ಇಲ್ಲವೇ, ನೋಡಿಯೂ ಸುಮ್ಮನಿದ್ದರೇ? ಇದೊಂದು ಅವರ ಬಾಯಿಂದಲೇ ಬರಬೇಕಿತ್ತು. "ತಪ್ಪಾಯ್ತು ಮೇಸ್ತ್ರಿ, ನೋಡಲಿಲ್ಲ" ಎಂದುಬಿಟ್ಟಿದ್ದರೆ ಸಾಕಿತ್ತು, ನಾನು ಅಲ್ಲಿಗೇ ಕೈಬಿಟ್ಟುಬಿಡುತ್ತಿದ್ದೆ. ಇಪ್ಪತ್ತಮೂರು ವರ್ಷದ ಋಣ, ಅಷ್ಟೂ ಮಾಡಲಾರೆನೇ.

ಊರಿಂದ ಬಂದ ಡಾಕ್ಟರು ವಿಷಯ ಕೇಳಿ, "ವಯಸ್ಸಾಯ್ತಲ್ಲ ಮೇಸ್ತ್ರಿ, ಇವೆಲ್ಲ ಇದ್ದದ್ದೇ" ಎಂದು ನಕ್ಕು, ಮುಂದಿನ ರೋಗಿಯನ್ನು ಕರೆದರು.

ಡಾಕ್ಟ್ರಮ್ಮ ನೇರವಾಗಿ ಕತ್ತಿ ಹಿಡಿಯಲಿಲ್ಲ. ಮೊದಲು ಮರಗಟ್ಟಿಸುವ ಸೂಜಿ ಕೊಟ್ಟು, ಎರಡು ಗುರುವಾರ ಒಸಡಿನ ಒಳಗಿನ ಬೇರನ್ನು ಕೆರೆದು ನುಣುಪು ಮಾಡಿದರು. ಹಲ್ಲಿನ ಸಂದು ಉಜ್ಜಲು ಪುಟ್ಟ ಬ್ರಷ್ಷು ಕೊಟ್ಟು, ಕನ್ನಡಿಯ ಮುಂದೆ ನಿಲ್ಲಿಸಿ, ಸ್ಕೂಲು ಮಕ್ಕಳಿಗೆ ಹೇಳಿಕೊಟ್ಟಂತೆ ಹೇಳಿಕೊಟ್ಟರು. ಹಲ್ಲಿನ ಮೇಸ್ತ್ರಿಗೆ ಹಲ್ಲುಜ್ಜುವ ಪಾಠ. ನಾಚಿಕೆ ಬಿಟ್ಟು ಕಲಿತೆ. ಸಿಗರೇಟು ಇದೆಯಾ, ಸಕ್ಕರೆ ಕಾಯಿಲೆ ಇದೆಯಾ ಎಂದು ವಿಚಾರಿಸಿ, ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಎರಡೂ ಇರಲಿಲ್ಲ.

ಆರು ವಾರ ಬಿಟ್ಟು ಮತ್ತೆ ಅಳೆದರು. ಮುಂಭಾಗ, ಎಡಭಾಗವೆಲ್ಲ ಮೂರು ನಾಲ್ಕಕ್ಕೆ ಇಳಿದಿತ್ತು. ಬಲಗಡೆ ಕೆಳಗಿನ ಮೂರು ಹಲ್ಲು ಮಾತ್ರ ಹಟ ಬಿಡಲಿಲ್ಲ. ಏಳು, ಒಂಬತ್ತು, ಏಳು. ಕಡ್ಡಿ ತಾಕಿದರೆ ಈಗಲೂ ರಕ್ತ.

"ಇಷ್ಟು ಆಳಕ್ಕೆ ಮೇಲಿಂದ ಕೆರೆದ್ರೆ ಕೈ ಎಟುಕಲ್ಲ, ಕಣ್ಣಿಗೂ ಕಾಣಲ್ಲ" ಎಂದರು. "ಒಸಡನ್ನ ಬಿಡಿಸಿ, ಒಳಗೆ ನೋಡ್ಕೊಂಡು ಕ್ಲೀನ್ ಮಾಡಿ, ಮತ್ತೆ ಹೊಲೀಬೇಕು. ಫ್ಲ್ಯಾಪ್ ಆಪರೇಷನ್ ಅಂತಾರೆ. ನಡುವಿನ ದವಡೆ ಹಲ್ಲಿನ ಮೇಲೆ ನಂಗೆ ನಂಬಿಕೆ ಕಮ್ಮಿ. ತೆರೆದಾಗ ಉಳಿಸೋಕಾಗಲ್ಲ ಅನ್ಸಿದ್ರೆ ಅಲ್ಲೇ ತೆಗೀತೀನಿ. ಇನ್ನೊಂದು, ವಾಸಿಯಾದ ಮೇಲೆ ಒಸಡು ಸ್ವಲ್ಪ ಕೆಳಗಿಳಿಯುತ್ತೆ, ಹಲ್ಲು ಉದ್ದ ಕಾಣುತ್ತೆ, ತಣ್ಣೀರು ಜುಂ ಅನ್ನುತ್ತೆ. ಈಗ್ಲೇ ಹೇಳಿರ್ತೀನಿ. ಒಪ್ಪಿಗೇನಾ?"

ಇಷ್ಟು ಬಿಡಿಸಿ ಆ ಕಟ್ಟಡದಲ್ಲಿ ನನಗೆ ಯಾರೂ ಏನೂ ಹೇಳಿರಲಿಲ್ಲ. ಸಹಿ ಹಾಕಿದೆ.

ಆಪರೇಷನ್ ದಿನ ನರ್ಸಿನ ಮಗುವಿಗೆ ಜ್ವರ, ಅವಳು ಬರಲಿಲ್ಲ. ನೀರು ರಕ್ತ ಎಳೆಯುವ ನಳಿಗೆ ಹಿಡಿಯಲು ಡಾಕ್ಟರೇ ನಿಂತರು. ಮಾಸ್ಕಿನ ಮೇಲೆ ಅವರ ಕಣ್ಣೆರಡು ನನಗೆ ಸರಿಯಾಗಿ ಕಾಣುತ್ತಿದ್ದವು.

ದವಡೆ ಮರಗಟ್ಟಿತ್ತು, ನೋವಿರಲಿಲ್ಲ. ಡಾಕ್ಟ್ರಮ್ಮ ಒಸಡಿನ ಅಂಚಿಗುಂಟ ಸಣ್ಣ ಚಾಕುವಿನಲ್ಲಿ ಕೊಯ್ದು, ಒಳಗೆ ಹೊರಗೆ ಎರಡೂ ಕಡೆ ಒಸಡನ್ನು ಮೂಳೆಯಿಂದ ಬಿಡಿಸಿ ಸರಿಸಿದರು. ಸಂದಿನಲ್ಲಿ ಬೆಳೆದಿದ್ದ ಕೊಳೆತ ಮಾಂಸವನ್ನು ಬಳಿದು ತೆಗೆದರು. ಡಾಕ್ಟರ ಕಣ್ಣು ದೊಡ್ಡದಾದದ್ದು ಆಗ.

"ಇಷ್ಟೊಂದಾ?" ಎಂದರು ಮೆಲ್ಲಗೆ.

"ಕಪ್ಪಗೆ ಕಲ್ಲಾಗಿದೆ ಸರ್, ಬೇರಿನ ತನಕ" ಎಂದರು ಡಾಕ್ಟ್ರಮ್ಮ. "ವರ್ಷಗಟ್ಟಲೆ ಹಳೇದು. ನಳಿಗೆ ಇಲ್ಲಿ ಹಿಡೀರಿ."

ವರ್ಷಗಟ್ಟಲೆ. ಆ ಮಾತಿಗೆ ಡಾಕ್ಟರ ಕಣ್ಣು ನನ್ನ ಕಣ್ಣಿಗೆ ಒಮ್ಮೆ ತಾಕಿ, ಥಟ್ಟನೆ ದೀಪದ ಕಡೆ ತಿರುಗಿತು. ನೋಡಿರಲಿಲ್ಲ ಎಂದು ನನಗೆ ಅಲ್ಲೇ ಖಾತ್ರಿಯಾಯಿತು. ಗೊತ್ತಿದ್ದವರು ಹಾಗೆ ಬೆಚ್ಚುವುದಿಲ್ಲ.

ಬೇರಿಗೆ ಅಂಟಿದ ಕಲ್ಲನ್ನೆಲ್ಲ ಯಂತ್ರದಿಂದಲೂ ಕೈಯಿಂದಲೂ ಕೆರೆದು, ಉಪ್ಪುನೀರಿನಲ್ಲಿ ತೊಳೆದು, ಮೂಳೆಯ ಏರುಪೇರಾದ ಅಂಚು ಸವರಿದರು. ನಡುವಿನ ದವಡೆ ಹಲ್ಲಿನ ಎರಡು ಬೇರು ಕವಲೊಡೆಯುವಲ್ಲಿ ಮೂಳೆ ಪೂರ್ತಿ ಕರಗಿ ಹೋಗಿತ್ತು. ಕೆನ್ನೆಯ ಕಡೆಯಿಂದ ಹಾಕಿದ ಬಾಗುಕಡ್ಡಿ ನಾಲಿಗೆಯ ಕಡೆ ಹೊರಬಂತಂತೆ. "ಇದು ಉಳಿಯಲ್ಲ, ತೆಗೀಲಾ?" ಎಂದು ಡಾಕ್ಟ್ರಮ್ಮ ನನ್ನ ಕಣ್ಣು ನೋಡಿ ಕೇಳಿದರು. ನಾನು ರೆಪ್ಪೆ ಮುಚ್ಚಿ ಹೂಂ ಎಂದೆ. ಅದು ಹೋಯಿತು. ಅಕ್ಕಪಕ್ಕದ ಎರಡಕ್ಕೆ ಒಸಡನ್ನು ಮತ್ತೆ ಕೂರಿಸಿ, ದಾರದಲ್ಲಿ ಹೊಲಿದು, ಮೇಲೆ ಗುಲಾಬಿ ಬಣ್ಣದ ಅಂಟು ಮೆತ್ತಿದರು.

ಹತ್ತು ದಿನ ಆ ಕಡೆ ಅಗಿಯುವಂತಿಲ್ಲ, ಉಜ್ಜುವಂತಿಲ್ಲ. ಬೆಳಿಗ್ಗೆ ಸಂಜೆ ಔಷಧಿ ನೀರು ಬಾಯಿಗೆ ಹಾಕಿ ಉಗುಳುವುದು, ಮೆತ್ತಗಿನ ಊಟ. ಮೊದಲ ದಿನ ಕೆನ್ನೆಗೆ ಐಸು ಹಿಡಿದು ಕೂತವನನ್ನು ನೋಡಿ ನನ್ನವಳು, "ಬ್ರಷ್ ಗಟ್ಟಿ ಇತ್ತಾ?" ಎಂದಳು.

ಹತ್ತನೆಯ ದಿನ ಹೊಲಿಗೆ ಬಿಚ್ಚಿದರು. "ಮೂರು ತಿಂಗಳು ನಾನೂ ಅಲ್ಲಿ ಕಡ್ಡಿ ಇಳಿಸಲ್ಲ, ಹೊಸದಾಗಿ ಅಂಟ್ಕೋತಿರುತ್ತೆ, ಕೆಡಿಸ್ಬಾರ್ದು. ನೀವು ಮಾತ್ರ ಶುಚಿ ಬಿಡ್ಬೇಡಿ" ಎಂದರು ಡಾಕ್ಟ್ರಮ್ಮ. ಆ ಮೂರು ತಿಂಗಳೂ ನಾನು ಡಾಕ್ಟರ ಮಾತಿಗೆ ಕಾದೆ. ಅಚ್ಚು ಕಳಿಸಿದರು, ಬಣ್ಣ ಸರಿಯಿಲ್ಲ ಎಂದು ವಾಪಸು ಕಳಿಸಿದರು, ಹೋದ ಹಲ್ಲಿನ ಜಾಗಕ್ಕೆ ಬಿಟ್ಟಿಯಾಗಿ ಹೊಸದು ಕೂರಿಸಿ ಕೊಡುತ್ತೇನೆ ಎಂದರು. "ಮಾಡೋನು ನಾನೇ ಅಲ್ವಾ ಡಾಕ್ಟ್ರೇ" ಎಂದೆ. ಜೋರಾಗಿ ನಕ್ಕರು. ಬೇಕಾದ ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ಆಡಿದರು.

ಮೂರು ತಿಂಗಳ ಮೇಲೆ ಡಾಕ್ಟ್ರಮ್ಮ ಅಳೆದರು. ಮೂರು, ಎರಡು, ಮೂರು. ಮೂರು, ಮೂರು, ಎರಡು. ರಕ್ತ ಇಲ್ಲ. ಅವರ ಮುಖದಲ್ಲಿ ಮೊದಲ ಸಲ ನಗು ಕಂಡೆ. ಅಂಕಿ ಬರೆಯಲು ಕಾರ್ಡು ತೆರೆದವರು ಹಾಗೇ ನಿಂತರು. ಆಮೇಲೆ ಕಾರ್ಡನ್ನು ನನ್ನ ಮುಂದೆ ಹಿಡಿದರು.

ಡಾಕ್ಟರ ಹಳೇ ಸಾಲುಗಳಲ್ಲಿ ಕೊನೆಯ ಆರರ ತುದಿಯಲ್ಲಿ, ಉಳಿದಿದ್ದ ಇಷ್ಟೇ ಇಷ್ಟು ಜಾಗದಲ್ಲಿ, ಅಕ್ಷರ ತುರುಕಿ ಬರೆದಿತ್ತು: ಆಳವಾದ ಸಂದು ಇದೆ, ಚಿಕಿತ್ಸೆಗೆ ಹೇಳಲಾಯಿತು, ರೋಗಿ ಒಪ್ಪಲಿಲ್ಲ. ಆರು ವರ್ಷದ ಆರು ಸಾಲಿಗೂ ಒಂದೇ ಹೊಸ ಶಾಯಿ. 'ಒಸಡು ಚೆನ್ನಾಗಿದೆ' ಎಂಬುದರ ಪಕ್ಕದಲ್ಲೇ. ಅದನ್ನು ಹೊಡೆದು ಹಾಕುವ ವ್ಯವಧಾನವೂ ಇರಲಿಲ್ಲ ಪುಣ್ಯಾತ್ಮನಿಗೆ.

ಡಾಕ್ಟರು ಬಾಗಿಲ ಹತ್ತಿರ ಕೈ ತೊಳೆಯುತ್ತಿದ್ದರು.

"ಸರ್, ಇದು ಮೊದಲು ಇರಲಿಲ್ಲ" ಎಂದರು ಡಾಕ್ಟ್ರಮ್ಮ.

"ಇತ್ತಮ್ಮ. ನೀವು ಗಮನಿಸಿಲ್ಲ. ಬೇಕಾದ್ರೆ ಮೇಸ್ತ್ರೀನೇ ಕೇಳಿ, ಎಷ್ಟು ಸಲ ಬಡ್ಕೊಂಡಿದೀನಿ."

ಇಬ್ಬರೂ ನನ್ನನ್ನು ನೋಡಿದರು. ನೋಡದೆ ಬಿಟ್ಟಿದ್ದನ್ನು ನಾನು ಮನ್ನಿಸಿಯೇ ಬಿಡುತ್ತಿದ್ದೆ, ನೋಡಿದೆ ಎಂದು ಬರೆದದ್ದನ್ನು ಹೇಗೆ ಮನ್ನಿಸಲಿ? ಡಾಕ್ಟರ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳುವುದನ್ನೂ ಮರೆತಿದ್ದರು. ನನಗೆ ಐವತ್ತೆರಡು. ಮೇಲಿನ ಲ್ಯಾಬು ಅವರದ್ದು, ಗಾರೆ ಅವರದ್ದು, ನಾನು ಕೂರುವ ಸ್ಟೂಲೂ ಅವರದ್ದೇ. ನನ್ನ ನಾಲಿಗೆ ನನ್ನನ್ನು ಕೇಳದೆ ಹೊರಳಿತು.

"ಹೌದು ಡಾಕ್ಟ್ರಮ್ಮ. ಹೇಳಿದ್ರು. ನಾನೇ ಬೇಡ ಅಂದಿದ್ದೆ."

ಆಕೆ ಅಂಕಿಗಳನ್ನು ಬರೆದು, ತಾರೀಖು ಹಾಕಿ, "ಮೂರು ಮೂರು ತಿಂಗಳಿಗೆ ತೋರಿಸ್ಕೊಳ್ಳಿ, ಯಾರ ಹತ್ರ ಆದ್ರೂ ಸರಿ" ಎಂದರು. ಮುಂದಿನ ಗುರುವಾರ ಅವರು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ.

ಈಗ ಡಾಕ್ಟರಿಗೆ ತಾವು ಬರೆದದ್ದರಲ್ಲಿ ಪೂರ್ತಿ ನಂಬಿಕೆ ಬಂದಿದೆ. ಆಪರೇಷನ್ನಿಗೆ ಹಿಂದೆಮುಂದೆ ನೋಡುವ ರೋಗಿ ಬಂದರೆ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕರೆಯುತ್ತಾರೆ. "ಇವ್ರನ್ನ ನೋಡಿ, ಹಲ್ಲಿನ ಕೆಲಸದೋರೇ. ಆರು ವರ್ಷ ಹೇಳ್ದೆ, ಕೇಳ್ಲಿಲ್ಲ. ತೋರ್ಸು ಮೇಸ್ತ್ರಿ" ಎನ್ನುತ್ತಾರೆ. ನಾನು ಕೈಯ ಗಾರೆ ಒರೆಸಿಕೊಂಡು ಇಳಿದು ಬರುತ್ತೇನೆ, ಕೆನ್ನೆಯನ್ನು ಬೆರಳಿನಿಂದ ಸರಿಸಿ, ಬಾಯಿ ಅಗಲಿಸಿ, ಖಾಲಿ ಜಾಗ ತೋರಿಸುತ್ತೇನೆ.