ಹದಿನಾಲ್ಕನೇ ಸ್ಲೈಡಿನ ಅರವತ್ತನಾಲ್ಕು ಮಂದಿ

ಸಮಿತಿಯಲ್ಲಿ ಕೂರುವವರು ಡೆಕ್ ಅನ್ನುವ ಸ್ಲೈಡುಗಳ ಕಟ್ಟನ್ನು ಓದುವುದಿಲ್ಲ. ಇಪ್ಪತ್ತು ಸ್ಲೈಡು ತಿರುವಿಹಾಕುವಷ್ಟು ತಾಳ್ಮೆ ಅವರಿಗಿದ್ದಿದ್ದರೆ ಆಸ್ಪತ್ರೆಯ ಯೋಜನಾ ವಿಭಾಗದಲ್ಲಿ ಅವಳಿಗೆ ಕೆಲಸವೇ ಇರುತ್ತಿರಲಿಲ್ಲ. ಸ್ಲೈಡುಗಳನ್ನು ಹಿಂಡಿ ಒಂದು ಪುಟದ ಸಾರಾಂಶ ಇಳಿಸುವುದು ಅವಳ ಕೆಲಸ. ಸಮಿತಿ ಆ ಪುಟವನ್ನು ನೋಡುತ್ತದೆ, ಚಹಾ ಕುಡಿಯುತ್ತದೆ, ರುಜು ಹಾಕುತ್ತದೆ. ಪುಟದಲ್ಲಿ ಇಲ್ಲದವರು ಆಸ್ಪತ್ರೆಯಲ್ಲೂ ಇಲ್ಲ.

ಆವತ್ತು ಬಂದಿದ್ದು ಡಯಾಲಿಸಿಸ್ ಘಟಕದ ಡೆಕ್. ಘಟಕ ಹಳೆ ಕಟ್ಟಡದ ನೆಲಮಹಡಿಯಿಂದ ಹೊಸ ಕಟ್ಟಡಕ್ಕೆ ಹೋಗಬೇಕಿತ್ತು. ಅಲ್ಲಿಗೆ ಎಷ್ಟು ಪಾಳಿಯ ಸಿಬ್ಬಂದಿ ಕೊಡಬೇಕು ಅನ್ನುವುದನ್ನು ಮಧ್ಯಾಹ್ನದ ಸಭೆ ತೀರ್ಮಾನಿಸಬೇಕಿತ್ತು.

ಸಾರಾಂಶಕ್ಕೆ ಕೈಹಚ್ಚುವ ಮೊದಲು ಡೆಕ್ಕನ್ನು ಮೂರು ಸಲ ಓದುವುದು ಅವಳ ಪದ್ಧತಿ. ಮೊದಲ ಸಲ ಅಂಕಿಗಳನ್ನು ಮಾತ್ರ, ಎರಡನೇ ಸಲ ಹೆಸರುಗಳನ್ನು ಮಾತ್ರ, ಮೂರನೇ ಸಲ ಕ್ರಿಯಾಪದಗಳನ್ನು ಮಾತ್ರ. ಒಟ್ಟಿಗೆ ಓದಿದರೆ ಕಣ್ಣು ಮೋಸ ಮಾಡುತ್ತದೆ. ವಾಕ್ಯ ನುಣ್ಣಗಿದ್ದರೆ ಅಂಕಿ ಅದರ ಮೇಲೆ ಜಾರಿಕೊಂಡು ಹೋಗಿಬಿಡುತ್ತದೆ.

ಅಂಕಿಯ ಓದಿನಲ್ಲೇ ತಲೆ ಕೆಟ್ಟಿತು. ಮೂರನೇ ಸ್ಲೈಡಿನಲ್ಲಿ ತೊಂಬತ್ತಾರು. ಒಂಬತ್ತನೆಯದರಲ್ಲಿ ನಾಲ್ಕು ವಾರಕ್ಕೆ ಸಾವಿರದ ನೂರ ಐವತ್ತೆರಡು. ಹದಿನಾಲ್ಕನೆಯದರಲ್ಲಿ ಅರವತ್ತನಾಲ್ಕು. ಇವು ಒಂದೇ ವಸ್ತುವಿನ ಲೆಕ್ಕವೋ ಬೇರೆಬೇರೆ ವಸ್ತುವಿನದೋ ಎಂದು ಹೆಸರು ಹುಡುಕಿದರೆ ಅಲ್ಲೂ ಗೋಜಲು. ಮೂರರಲ್ಲಿ ‘ರೋಗಿಗಳು’, ಒಂಬತ್ತರಲ್ಲಿ ‘ಚಿಕಿತ್ಸೆಗಳು’, ಹದಿನಾಲ್ಕರಲ್ಲಿ ‘ಫಲಾನುಭವಿಗಳು’. ತನ್ನ ರಕ್ತ ತೊಳೆಸಿಕೊಂಡು ತನ್ನ ಮೈಗೇ ವಾಪಸು ತುಂಬಿಸಿಕೊಳ್ಳುವವನು ಯಾವ ಫಲ ಅನುಭವಿಸಿದನೋ! ಮೂರು ಹೆಸರೂ ಒಬ್ಬನೇ ಆಸಾಮಿಯದೋ, ಇಲ್ಲ ಫಲಾನುಭವಿ ಅಂದರೆ ಉಚಿತ ಚೀಟಿ ಇರುವ ರೋಗಿ ಮಾತ್ರವೋ, ಡೆಕ್ ಹೇಳುತ್ತಿರಲಿಲ್ಲ.

ಆ ಕಚೇರಿಯಲ್ಲಿ ಇಂಥದ್ದಕ್ಕೆ ಒಂದು ಸಲೀಸಾದ ಕಟ್ಟಳೆಯಿತ್ತು. ಎರಡು ಸ್ಲೈಡು ಜಗಳವಾಡಿದರೆ ಹಿಂದಿನದನ್ನು ಬಿಟ್ಟು ಮುಂದಿನದನ್ನು ಹಿಡಿ; ಕೊನೆಗೆ ಸೇರಿಸಿದ್ದು ಹೊಸ ಮಾಹಿತಿ. ಕಟ್ಟಳೆ ತಂದವರು ವಿಭಾಗದ ಮುಖ್ಯಸ್ಥರು. ಬಾಯಿ ತೆರೆದರೆ ಸ್ಲೈಡಿನ ಬುಲೆಟ್ ಗುರುತಿನ ಸಾಲುಗಳ ಹಾಗೆ ಒಂದನೇದು, ಎರಡನೇದು ಎಂದೇ ಶುರುಮಾಡುತ್ತಿದ್ದ ಅವರನ್ನು ಎಲ್ಲರೂ ಬೆನ್ನ ಹಿಂದೆ ಬುಲೆಟ್ ಸಾಹೇಬರು ಅನ್ನುತ್ತಿದ್ದರು. ಮನೆಯಲ್ಲಿ ಹೆಂಡತಿಯ ಹತ್ತಿರವೂ ಹೀಗೇ ಮಾತಾಡುತ್ತಾರಂತೆ, ಆಕೆ ಎರಡನೇದಕ್ಕೇ ಎದ್ದು ಹೋಗುತ್ತಾರಂತೆ ಎಂದು ಗುಮಾಸ್ತರು ನಗುತ್ತಿದ್ದರು.

ಅವಳೂ ಕಟ್ಟಳೆಯಂತೆ ಮೂರನೇ ಸ್ಲೈಡಿನ ತೊಂಬತ್ತಾರನ್ನು ಹೊಡೆದುಹಾಕಿ ಅರವತ್ತನಾಲ್ಕು ಬರೆದಳು. ಡೆಕ್ ನೆಟ್ಟಗಾಯಿತು ಅಂದುಕೊಂಡಳು. ತಾಳೆ ನೋಡೋಣ ಎಂದು ಒಂಬತ್ತನೇ ಸ್ಲೈಡಿನ ಅಂಕಿಯನ್ನು ಅರವತ್ತನಾಲ್ಕರಿಂದ ಭಾಗಿಸಿದರೆ ಹದಿನೆಂಟು ಬಂತು. ನಾಲ್ಕು ವಾರಕ್ಕೆ ಒಬ್ಬರಿಗೆ ಹದಿನೆಂಟು ಸಲ. ವಾರಕ್ಕೆ ನಾಲ್ಕೂವರೆ.

ಅದು ಹೇಗೆ ಸಾಧ್ಯ? ಅವಳ ಚಿಕ್ಕಮ್ಮ ಅದೇ ಘಟಕಕ್ಕೆ ವಾರಕ್ಕೆ ಮೂರೇ ಸಲ ಹೋಗುವುದು. ಎಲ್ಲರಿಗೂ ಮೂರೇ. ಮೂರು ಸಲಕ್ಕೆ ಸೂಜಿ ಚುಚ್ಚಿಸಿಕೊಂಡು ಚಿಕ್ಕಮ್ಮನ ತೋಳು ಹಗ್ಗದ ಗಂಟಿನ ಹಾಗಾಗಿದೆ. ಅರ್ಧ ಸಲ ಯಾರಾದರೂ ಚುಚ್ಚುತ್ತಾರಾ? ಅದೇ ಅಂಕಿಯನ್ನು ತೊಂಬತ್ತಾರರಿಂದ ಭಾಗಿಸಿದಳು. ಹನ್ನೆರಡು, ವಾರಕ್ಕೆ ಸರಿಯಾಗಿ ಮೂರು. ಹೊಡೆದುಹಾಕಿದ ಅಂಕಿಯೇ ಕೂಡಿಬಂತು.

ಹಾಗಾದರೆ ಅರವತ್ತನಾಲ್ಕು ಎಲ್ಲಿಂದ ಹುಟ್ಟಿತು?

ಕ್ರಿಯಾಪದದ ಓದು ಬಾಕಿಯಿತ್ತು. ಬೆರಳಿಟ್ಟು ಓದುತ್ತ ಹೋದಳು. ಹನ್ನೊಂದನೇ ಸ್ಲೈಡು: ಸೂಚನಾ ಫಲಕದಲ್ಲಿ ತಿಳಿಸಿರುವಂತೆ ಸಂಜೆ ಪಾಳಿಯನ್ನು ನಿಲ್ಲಿಸಲಾಗಿದೆ. ಹದಿನಾಲ್ಕನೆಯದು: ಸಂಜೆ ಪಾಳಿ ನಿಂತ ನಂತರ ಅರವತ್ತನಾಲ್ಕು ಫಲಾನುಭವಿಗಳು ಇರುತ್ತಾರೆ. ಹದಿನೇಳನೆಯದು: ಬೇಡಿಕೆ ಇಳಿದಿರುವುದರಿಂದ ಹೊಸ ಕಟ್ಟಡಕ್ಕೆ ಎರಡು ಪಾಳಿಯ ಸಿಬ್ಬಂದಿ ಸಾಕು. ಒಂದು ಕಡೆ ಆಗಿಹೋಗಿದೆ, ಇನ್ನೊಂದು ಕಡೆ ಆಗಲಿದೆ, ಮತ್ತೊಂದು ಕಡೆ ಆದದ್ದರಿಂದ ಏನೋ ಆಗಿದೆ.

ಕಾಗದದ ಅಂಚಿನಲ್ಲಿ ಲೆಕ್ಕ ಹಾಕಿದಳು. ಹದಿನಾರು ಯಂತ್ರ. ಒಂದು ಪಾಳಿಗೆ ಒಂದು ಯಂತ್ರದಲ್ಲಿ ಒಬ್ಬರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮೂರು ಪಾಳಿ. ರೋಗಿಗಳು ದಿನ ಬಿಟ್ಟು ದಿನ ಬರುವುದರಿಂದ ಸೋಮವಾರದವರ ಗುಂಪು ಬೇರೆ, ಮಂಗಳವಾರದವರದು ಬೇರೆ. ಎರಡೂ ಗುಂಪು ಸೇರಿ ಮೂರು ಪಾಳಿಗೆ ತೊಂಬತ್ತಾರು ಜನ. ಸಂಜೆಯನ್ನು ಕಿತ್ತರೆ ಅರವತ್ತನಾಲ್ಕು. ರೋಗಿಗಳು ಕಡಿಮೆಯಾಗಿರಲಿಲ್ಲ. ಮೂವತ್ತೆರಡು ಜನರನ್ನು ಕಾಗದದ ಮೇಲೆ ಕುರ್ಚಿಯಿಂದ ಎಬ್ಬಿಸಿ, ಆಮೇಲೆ ಕುರ್ಚಿ ಖಾಲಿಯಿದೆ ಎಂದು ಬರೆದಿದ್ದರು.

ಚಿಕ್ಕಮ್ಮ ಸಂಜೆ ಪಾಳಿಯವಳು.

ಅಲ್ಲಿಗೆ ಅವಳಿಗೆ ತನ್ನ ಮೇಲೇ ಗುಮಾನಿ ಬಂತು. ಚಿಕ್ಕಮ್ಮ ಇಲ್ಲದಿದ್ದರೆ ಇಷ್ಟು ಕೆದಕುತ್ತಿದ್ದೆನೇ? ಅಥವಾ ಪಾಳಿ ನಿಜಕ್ಕೂ ನಿಂತು, ಚಿಕ್ಕಮ್ಮನನ್ನು ಬೆಳಗಿನ ಗುಂಪಿಗೆ ಹಾಕಿದ್ದಾರೋ, ಅದನ್ನು ಮನೆಯಲ್ಲಿ ನನಗೆ ಹೇಳಲು ಅವಳು ಮರೆತಿದ್ದಾಳೋ? ಫೋನ್ ಮಾಡಿದಳು. ಚಿಕ್ಕಮ್ಮನ ಉತ್ತರ ಡೆಕ್‌ಗಿಂತ ಗೊಂದಲ. ಸಂಜೆ ಪಾಳಿ ನಿಂತಿದೆ ಅಂತ ಗೋಡೆ ಮೇಲೆ ಅಂಟಿಸಿದ್ದಾರಂತೆ. ನಿನ್ನೆ ಸಂಜೆಯೂ ಹೋಗಿ ಮಾಡಿಸಿಕೊಂಡು ಬಂದಳಂತೆ.

“ಅಂದರೆ ನಿಂತಿದೆಯೋ ಇಲ್ಲವೋ ಚಿಕ್ಕಮ್ಮಾ?”

“ನಿಂತಿದೆ ಕಣೇ, ಬರೆದು ಹಾಕಿದ್ದಾರಲ್ಲ. ನಾವು ಹೋಗ್ತೀವಿ, ಅವರು ಮಾಡ್ತಾರೆ. ಅದನ್ನೆಲ್ಲ ಕೇಳೋಕೆ ಹೋಗಬೇಡ, ಕೇಳಿದರೆ ನೆನಪಾಗಿ ನಿಲ್ಲಿಸಿಬಿಟ್ಟಾರು.”

ಬಡವರಿಗೆ ಬದುಕುವ ಉಪಾಯ ಕಲಿಸಿರುವುದೇ ಹೀಗೆ: ಯಾರಿಗೂ ನೆನಪಾಗದಂತೆ ಇರಿ. ನೆನಪಾಗದೆ ಇದ್ದವರನ್ನೇ ಅಲ್ಲವೇ ಹದಿನಾಲ್ಕನೇ ಸ್ಲೈಡು ಕಳೆದುಬಿಟ್ಟಿದ್ದು? ಕೇಳಿದರೂ ಕಷ್ಟ, ಕೇಳದಿದ್ದರೂ ಕಷ್ಟ.

ಆಮೇಲೆ ಬುಲೆಟ್ ಸಾಹೇಬರ ಬಳಿಗೆ ಹೋದಳು. ಅವರು ಕಾಗದ ನೋಡಿ, ಇದೆಲ್ಲ ಮೂರು ಮೇಜಿನಿಂದ ಬಂದ ಸ್ಲೈಡುಗಳು, ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ ಎಂದರು. ಒಂದನೇದು, ಅಂಕಿ ಹದಿನಾಲ್ಕರದ್ದೇ ಇರಲಿ. ಎರಡನೇದು, ಎಲ್ಲ ಕಡೆ ಫಲಾನುಭವಿ ಅಂತ ಮಾಡು. ಮೂರನೇದು, ಎಲ್ಲವನ್ನೂ ಭೂತಕಾಲಕ್ಕೆ ತಾ, ಓದೋಕೆ ಚೆನ್ನಾಗಿರುತ್ತೆ. ಅಷ್ಟು ಮಾಡಿದರೆ ಮೂವತ್ತೆರಡು ಜನ ಎಲ್ಲಿ ಹೋದರು ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲವಲ್ಲ ಎಂದಳು. ಖಾಸಗಿ ಆಸ್ಪತ್ರೆಗೆ ಹೋಗಿರಬಹುದು ಎಂದರು ಅವರು. ಆ ‘ಬಹುದು’ ಯಾವ ಸ್ಲೈಡಿನಲ್ಲೂ ಇರಲಿಲ್ಲ.

ಅವಳು ನೆಲಮಹಡಿಗೆ ಇಳಿದಳು. ಘಟಕದ ಬಾಗಿಲ ಪಕ್ಕದಲ್ಲೇ ಆ ನೋಟಿಸು ಇತ್ತು. ‘ಸಂಜೆ ಪಾಳಿಯನ್ನು ನಿಲ್ಲಿಸಲಾಗಿದೆ.’ ಯಾವಾಗಿನಿಂದ ಎಂದಿಲ್ಲ, ಯಾರ ಆದೇಶ ಎಂದಿಲ್ಲ. ಒಳಗೆ ಮಧ್ಯಾಹ್ನದವರು ಕಂಬಳಿ ಹೊದ್ದು ಒರಗಿದ್ದರು. ಯಂತ್ರಗಳು ಗುರ್ರೆನ್ನುತ್ತಿದ್ದವು. ಕೊಳವೆಗಳಲ್ಲಿ ರಕ್ತ ಹೋಗಿ ಬಂದು ಮಾಡುತ್ತಿತ್ತು.

ಘಟಕ ನೋಡಿಕೊಳ್ಳುವ ಸಿಸ್ಟರ್ ಅವಳ ಕೈಯಲ್ಲಿದ್ದ ಕಾಗದ ಕಂಡು, ಮೇಲಿನವರು ಕೆಳಗೆ ಬಂದರೆ ನಮಗೆ ಎದೆ ಹೊಡ್ಕೊಳ್ಳುತ್ತೆ ಎಂದು ಗೇಲಿ ಮಾಡಿದರು. ಸಂಜೆ ಪಾಳಿಯ ಮಾತು ಕೇಳಿದ್ದೇ ಗೇಲಿ ನಿಂತಿತು. ಒಳಕೋಣೆಗೆ ಕರೆದೊಯ್ದರು. ಅಲ್ಲಿ ಗೋಡೆಯುದ್ದಕ್ಕೂ ಕಪಾಟು. ರಕ್ತ ಶೋಧಿಸುವ ಫಿಲ್ಟರುಗಳನ್ನು ಪ್ರತಿ ಸಲ ಹೊಸದು ಹಾಕುವ ಶಕ್ತಿ ಆ ಆಸ್ಪತ್ರೆಗಿಲ್ಲ. ತೊಳೆದು, ಔಷಧ ತುಂಬಿ, ಅವರವರ ಹೆಸರು ಅಂಟಿಸಿ ಇಡುತ್ತಾರೆ. ಒಬ್ಬರದನ್ನು ಇನ್ನೊಬ್ಬರಿಗೆ ಹಾಕುವಂತಿಲ್ಲ. ಪಾಳಿಗೊಂದು ಕಪಾಟು, ದಿನದ ಗುಂಪಿಗೊಂದು ಅಡ್ಡ ಹಲಗೆ. ‘ಸಂಜೆ’ ಎಂದು ಬರೆದ ಕಪಾಟಿನ ಎರಡೂ ಹಲಗೆ ತುಂಬಿದ್ದವು. ನಿನ್ನೆಯ ದಿನಾಂಕ ಹೊತ್ತ ಸಾಲಿನ ನಡುವೆ ಚಿಕ್ಕಮ್ಮನ ಹೆಸರು, ಶಾಯಿ ಸ್ವಲ್ಪ ಹರಡಿಕೊಂಡು.

“ಮತ್ತೆ ನೋಟಿಸು?” ಎಂದಳು.

“ಅದನ್ನ ನಿಮ್ಮ ಕಚೇರಿಯವರೇ ತಂದು ಅಂಟಿಸಿದ್ದು. ಆದೇಶದ ಪ್ರತಿ ಕೊಡಿ ಅಂದೆ. ಡೆಕ್‌ನಲ್ಲಿದೆ ಅಂದರು. ಆದೇಶ ಬರಲಿ ನಿಲ್ಲಿಸೋಣ ಅಂತ ನಡೆಸ್ತಾ ಇದೀನಿ. ಇವರನ್ನ ಬೇರೆ ಪಾಳಿಗೆ ಹಾಕೋಣ ಅಂದರೆ ಕುರ್ಚಿ ಎಲ್ಲಿದೆ?”

ಅವಳು ಮೆಟ್ಟಿಲು ಹತ್ತಿ ಮೇಲೆ ಬಂದಳು. ಬಂದವಳೇ ಹನ್ನೊಂದನೇ ಸ್ಲೈಡನ್ನು ಮತ್ತೆ ನೋಡಿದಳು. ಸೂಚನಾ ಫಲಕದಲ್ಲಿ ತಿಳಿಸಿರುವಂತೆ. ಕೂತು ಪುಟ ಬರೆದಳು. ಏನನ್ನೂ ಒಂದೇ ಮಾಡಲು ಹೋಗಲಿಲ್ಲ. ಮೊದಲ ಸಾಲಿನಲ್ಲೇ ಬರೆದಳು: ಈ ಡೆಕ್‌ನ ಅಂಕಿಗಳು ಪರಸ್ಪರ ಹೊಂದುತ್ತಿಲ್ಲ. ಇಂದು ಮೂರು ಪಾಳಿಯಲ್ಲಿ ತೊಂಬತ್ತಾರು ರೋಗಿಗಳಿದ್ದಾರೆ. ನಾಲ್ಕು ವಾರದ ಚಿಕಿತ್ಸೆಗಳ ಲೆಕ್ಕವೂ, ಘಟಕದ ಕಪಾಟೂ ಇದಕ್ಕೆ ತಾಳೆಯಾಗುತ್ತವೆ. ಅರವತ್ತನಾಲ್ಕು ಎಂಬುದು ಸಂಜೆ ಪಾಳಿಯನ್ನು ನಿಲ್ಲಿಸಿದರೆ ಉಳಿಯುವ ಸಂಖ್ಯೆ. ನಿಲ್ಲಿಸಿಲ್ಲ. ಎರಡು ಪಾಳಿಗೆ ಒಪ್ಪಿದರೆ ಮೂವತ್ತೆರಡು ಮಂದಿಗೆ ಚಿಕಿತ್ಸೆ ಇರುವುದಿಲ್ಲ. ಕೊನೆಗೆ, ಈ ಮೂವತ್ತೆರಡರಲ್ಲಿ ಒಬ್ಬರು ತನ್ನ ಚಿಕ್ಕಮ್ಮ ಎಂದೂ ಸೇರಿಸಿದಳು. ಬೇರೆ ಯಾರೋ ಪತ್ತೆಹಚ್ಚಿ ಪುಟದ ಬಾಯಿ ಮುಚ್ಚಿಸುವುದು ಅವಳಿಗೆ ಬೇಡವಾಗಿತ್ತು.

ಬುಲೆಟ್ ಸಾಹೇಬರು ಓದಿ ಕೆಂಪಗಾದರು. ಸಾರಾಂಶ ಕೇಳಿದರೆ ತಕರಾರು ಬರೆದಿದ್ದೀಯ ಎಂದರು. ಒಂದನೇದು, ನೋಟಿಸು ಇದೆಯಲ್ಲ.

“ನೋಟಿಸು ನಿಮ್ಮ ಹನ್ನೊಂದನೇ ಸ್ಲೈಡು ನೋಡಿಕೊಂಡು ಅಂಟಿಸಿದ್ದು ಸಾರ್.”

“ಹನ್ನೊಂದನೇ ಸ್ಲೈಡು ನೋಟಿಸು ನೋಡಿಕೊಂಡು ಬರೆದಿದ್ದು.”

ಎರಡನೇದು ಬರಲಿಲ್ಲ. ಸಾಹೇಬರು ಪುಟ ತಿರುವಿದರು, ಹಿಂದೆ ಏನೂ ಇರಲಿಲ್ಲ, ಮತ್ತೆ ಮುಂದಕ್ಕೆ ತಿರುವಿದರು. ಆದೇಶ ಯಾರು ಕೊಟ್ಟರು ಎಂದು ಅವರು ಅವಳನ್ನೇ ಕೇಳಿದರು. ಯಾರೂ ಕೊಟ್ಟಿರಲಿಲ್ಲ. ಯಾರೂ ಕೊಡದ ಆದೇಶ ಗೋಡೆಯಿಂದ ಸ್ಲೈಡಿಗೆ, ಸ್ಲೈಡಿನಿಂದ ಗೋಡೆಗೆ ಓಡಾಡಿಕೊಂಡು ಕೊಬ್ಬಿತ್ತು. ಅವಳ ಸಾರಾಂಶದಲ್ಲಿ ಅರವತ್ತನಾಲ್ಕು ಎಂದು ಬಿದ್ದಿದ್ದರೆ ಅದಕ್ಕೆ ರುಜುವೂ ಸಿಕ್ಕಿ ನಿಜವಾಗಿಬಿಡುತ್ತಿತ್ತು. ಬೇರೆ ಪುಟ ಬರೆಸುವಷ್ಟು ಹೊತ್ತೂ ಇರಲಿಲ್ಲ, ಮುಖವೂ ಇರಲಿಲ್ಲ. ಅದನ್ನೇ ಹಿಡಿದುಕೊಂಡು ಅವರು ಸಭೆಗೆ ಹೋದರು.

ಸಭೆ ಮುಗಿಸಿ ಬಂದ ಸಾಹೇಬರ ಮುಖ ಇನ್ನೂ ಗೊಂದಲದಲ್ಲಿತ್ತು. ಮೂರು ಪಾಳಿಯೂ ಹೊಸ ಕಟ್ಟಡಕ್ಕೆ ಹೋಗಬೇಕಂತೆ. ನಿಲ್ಲಿಸುವುದು ಯಾರ ಯೋಚನೆ ಎಂದು ಸಮಿತಿ ಕೇಳಿತಂತೆ. ಒಬ್ಬರು ಇನ್ನೊಬ್ಬರನ್ನು ನೋಡಿದರಂತೆ. ನೋಟಿಸಿನ ವಿಷಯ ಪ್ರತ್ಯೇಕವಾಗಿ ಪರಿಶೀಲಿಸಲಾಗುವುದಂತೆ. ಅಂದರೆ ಅದು ಅಲ್ಲೇ ಇರುತ್ತದೆ.

ಸಂಜೆ ಅವಳೇ ಚಿಕ್ಕಮ್ಮನನ್ನು ಕರೆದುಕೊಂಡು ಕೆಳಗೆ ಹೋದಳು. ಆವತ್ತು ತನ್ನ ಸರದಿಯಲ್ಲದಿದ್ದರೂ, ತನ್ನ ಗುಂಪು ಬದಲಾಯಿತಾ ಎಂದು ಕೇಳಿಕೊಂಡು ಬರೋಣ ಎಂದು ಚಿಕ್ಕಮ್ಮ ಹಟ ಹಿಡಿದಿದ್ದಳು. ಮಧ್ಯಾಹ್ನದ ಫೋನಿನ ನಂತರ ಚಿಕ್ಕಮ್ಮನಿಗೆ ಊಟ ಸೇರಿರಲಿಲ್ಲ. ಬಾಗಿಲಲ್ಲಿ ನೋಟಿಸಿನ ಕೆಳಗೆ ಐದಾರು ಜನ ಸಂಜೆಯವರು ಚೀಲ ಹಿಡಿದು ನಿಂತಿದ್ದರು. ಒಬ್ಬ ಮುದುಕ ನೋಟಿಸನ್ನು ದೊಡ್ಡದಾಗಿ ಓದಿ, ಇವತ್ತೂ ನಿಲ್ಲಿಸಿದ್ದಾರಾ ನೋಡ್ರಪ್ಪಾ ಎಂದ. ಎಲ್ಲರೂ ನಕ್ಕರು. ಬಾಗಿಲು ತೆರೆಯಿತು.

“ಏನಂದರೇ ನಿಮ್ಮವರು?” ಎಂದಳು ಚಿಕ್ಕಮ್ಮ, ಒಳಗೆ ಕಾಲಿಡದೆ.

“ಇದೆ ಚಿಕ್ಕಮ್ಮಾ. ಹೊಸ ಕಟ್ಟಡದಲ್ಲೂ ಇರುತ್ತೆ.”

ಚಿಕ್ಕಮ್ಮ ನೋಟಿಸು ನೋಡಿದಳು, ಅವಳನ್ನು ನೋಡಿದಳು. ಯಾವುದನ್ನು ನಂಬಬೇಕೆಂದು ತಿಳಿಯದೆ, ಸರದಿಯ ದಿನದ ರೂಢಿಯಂತೆ ತೋಳು ಚಾಚಿಕೊಂಡೇ ಒಳಗೆ ಹೋದಳು.